ಪ್ರಾರ್ಥನಾ ಡೈರಿಯಿಂದ ಸ್ವಂತ ಕೀರ್ತನೆಗೆ: 13ನೇ ಕೀರ್ತನೆಯನ್ನು ಮಾದರಿಯಾಗಿಟ್ಟುಕೊಂಡು ಬರೆಯುವ ಕ್ರಮ

ಡೊಂಬಿವಲಿ, ಠಾಣೆಗಳ ಕಡೆಯ ನಮ್ಮ ಕನ್ನಡ ಸಹವಾಸಿಗಳು ತಿಂಗಳಿಗೊಮ್ಮೆ ಸೇರಿ ಬೈಬಲಿನ ಕೀರ್ತನೆಗಳನ್ನು ಓದುವಾಗ ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಪ್ರಾರ್ಥನಾ ಡೈರಿ ಇಡಬೇಕೆಂದು ಪುಸ್ತಕ ಕೊಂಡಿದ್ದೇವೆ, ಆದರೆ ಅದರಲ್ಲಿ ಏನು ಬರೆಯುವುದು? ಬರೆದದ್ದು ಪ್ರಾರ್ಥನೆಯಾಗುವುದು ಹೇಗೆ? ಅದಕ್ಕೆ ಉತ್ತರವಾಗಿ ಈ ಟಿಪ್ಪಣಿಯಲ್ಲಿ ಒಂದೇ ಕೀರ್ತನೆಯನ್ನು, ಅಂದರೆ 13ನೆಯದನ್ನು, ಮಾದರಿಯಾಗಿ ತೆಗೆದುಕೊಂಡಿದ್ದೇನೆ. ಒಟ್ಟು 150 ಕೀರ್ತನೆಗಳಲ್ಲಿ ಸ್ತುತಿಯವೂ ಕೃತಜ್ಞತೆಯವೂ ಬಹಳ ಇವೆ. ಆದರೂ ಮೊದಲ ಸಲ ಬರೆಯುವವರು ಅಳಲಿನ ಕೀರ್ತನೆಯಿಂದ ಆರಂಭಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸ್ತುತಿ ಬರೆಯಲು ಕುಳಿತವರ ಲೇಖನಿಗೆ ಸಭೆಯಲ್ಲಿ ನೂರಾರು ಸಲ ಕೇಳಿದ ಮಾತುಗಳೇ ಬಂದುಬಿಡುತ್ತವೆ, ಅಳಲು ಮಾತ್ರ ಅವರವರದೇ ಆಗಿರುತ್ತದೆ.

13ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲೆರಡರಲ್ಲಿ ಕೀರ್ತನೆಗಾರನು ದೇವರನ್ನು ಹೆಸರು ಹಿಡಿದು ಕರೆದು, ‘ಇನ್ನೆಷ್ಟು ಕಾಲ’ ಎಂದು ನಾಲ್ಕು ಸಲ ಕೇಳುತ್ತಾನೆ: ನೀನು ನನ್ನನ್ನು ಮರೆತಿರುವುದು, ಮುಖ ಮರೆಮಾಡಿರುವುದು, ನಾನು ಮನಸ್ಸಿನಲ್ಲೇ ದುಃಖಪಡುತ್ತಿರುವುದು, ವೈರಿ ನನ್ನ ಮೇಲೆ ಹೆಚ್ಚುತ್ತಿರುವುದು. ಗಮನಿಸಿದರೆ ದೂರು ಮೊದಲು ದೇವರ ಮೇಲೆ, ಆಮೇಲೆ ತನ್ನ ಒಳಗಿನ ಸ್ಥಿತಿಯ ಮೇಲೆ, ಕೊನೆಗೆ ಹೊರಗಿನ ಮನುಷ್ಯರ ಮೇಲೆ ಹೋಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ವಚನಗಳಲ್ಲಿ ಬೇಡಿಕೆ ಬರುತ್ತದೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಅದರ ಬೆನ್ನಿಗೇ, ಹಾಗಾಗದಿದ್ದರೆ ಏನಾದೀತು ಎಂಬ ಕಾರಣವನ್ನೂ ಅವನು ದೇವರ ಮುಂದಿಡುತ್ತಾನೆ. ಐದು ಮತ್ತು ಆರನೆಯ ವಚನಗಳಲ್ಲಿ ‘ನಾನಾದರೋ’ ಎಂಬಂಥ ತಿರುವು ಬಂದು, ಭರವಸೆಯೂ ಹಾಡುವೆನೆಂಬ ಮಾತೂ ಮುಂದೆ ಬರುತ್ತವೆ. ಈ ಮೂರು ಭಾಗಗಳನ್ನು ನೆನಪಿಟ್ಟುಕೊಂಡರೆ ಬರೆಯಲು ಬೇಕಾದ ಚೌಕಟ್ಟು ಸಿಕ್ಕಂತೆಯೇ.

ಆದರೆ ಚೌಕಟ್ಟಿನೊಳಗೆ ತುಂಬಬೇಕಾದದ್ದು ಡೈರಿಯಲ್ಲಿ ಮೊದಲೇ ಇರಬೇಕು. ಇದಕ್ಕಾಗಿ ಪುಸ್ತಕವನ್ನು ತೆರೆದಿಟ್ಟು ಎಡಪುಟ, ಬಲಪುಟ ಎಂದು ಎರಡು ಕೆಲಸಗಳಿಗೆ ಹಂಚಿಕೊಳ್ಳುವುದು ಅನುಕೂಲ. ಎಡಪುಟದಲ್ಲಿ ತಾರೀಖು ಹಾಕಿ, ಆ ದಿನ ನಡೆದದ್ದನ್ನು ಯಾವ ಭಕ್ತಿಯ ಮಾತೂ ಇಲ್ಲದೆ ಐದಾರು ವಾಕ್ಯಗಳಲ್ಲಿ ಬರೆಯುವುದು. ಬಲಪುಟವನ್ನು ಪೂರ್ತಿ ಖಾಲಿ ಬಿಡುವುದು. ಎಡಪುಟದ ಬರಹ ಯಾವ ಭಾಷೆಯಲ್ಲಿ ಬಂದರೂ ಚಿಂತೆಯಿಲ್ಲ. ನಮ್ಮಲ್ಲಿ ಅನೇಕರ ಮನೆಮಾತು ತುಳುವಾದ್ದರಿಂದ ನೋವಿನ ಮಾತು ಮೊದಲು ತುಳುವಿನಲ್ಲೇ ಹೊರಡುತ್ತದೆ, ಅದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದುಕೊಳ್ಳಬಹುದು. ಕೀರ್ತನೆಯನ್ನು ಅದೇ ರಾತ್ರಿ ಬರೆಯಬೇಕೆಂದೂ ಇಲ್ಲ. ವಾರದಲ್ಲಿ ಒಂದು ಬಿಡುವಿನ ಹೊತ್ತಿನಲ್ಲಿ, ಎಡಪುಟಗಳನ್ನು ಓದಿ, ಯಾವುದು ಇನ್ನೂ ಚುಚ್ಚುತ್ತಿದೆಯೋ ಅದರ ಎದುರಿನ ಬಲಪುಟದಲ್ಲಿ ಬರೆದರೆ ಸಾಕು.

ನಮ್ಮ ಗುಂಪಿನ ಅಕ್ಕನವರೊಬ್ಬರು ತಮ್ಮ ಪುಟವೊಂದನ್ನು ಕಲಿಕೆಗೆಂದು ಹಂಚಿಕೊಂಡಿದ್ದಾರೆ. ಅವರ ತಾಯಿ ಉಡುಪಿಯ ಕಡೆ ಊರಿನಲ್ಲಿ ಪಾರ್ಶ್ವವಾಯುವಿನಿಂದ ಮಲಗಿದ್ದ ದಿನಗಳ ಎಡಪುಟ ಅದು:

“ಅಮ್ಮನಿಗೆ ಬಲಗೈ ಇನ್ನೂ ಎತ್ತಲಾಗುತ್ತಿಲ್ಲ. ಮಾತು ತೊದಲುತ್ತದೆ, ಫೋನಿನಲ್ಲಿ ನನ್ನ ಹೆಸರು ಬಾಯಿಗೆ ಬರಲಿಲ್ಲ. ರಜೆ ಕೇಳಿದೆ, ತಿಂಗಳ ಕೊನೆಗೆ ನೋಡೋಣ ಎಂದರು. ಮತ್ಸ್ಯಗಂಧದಲ್ಲಿ ವೇಟಿಂಗ್ ಲಿಸ್ಟ್. ತಮ್ಮ ಒಬ್ಬನೇ ಎಲ್ಲ ನೋಡಿಕೊಳ್ಳುತ್ತಿದ್ದಾನೆ, ನನ್ನ ಮೇಲೆ ಅವನಿಗೆ ಸಿಟ್ಟಿದೆ. ಪ್ರಾರ್ಥನೆಗೆ ಕೂತರೆ ಖರ್ಚಿನ ಲೆಕ್ಕವೇ ತಲೆಯಲ್ಲಿ ಓಡುತ್ತದೆ.”

ಇದನ್ನು ಇಟ್ಟುಕೊಂಡು ಅವರು ಬಲಪುಟದಲ್ಲಿ ಮೊದಲು ಬರೆದದ್ದು ಹೀಗಿತ್ತು: “ಪರಲೋಕದಲ್ಲಿರುವ ನಮ್ಮ ತಂದೆಯೇ, ರೋಗಿಗಳೆಲ್ಲರನ್ನೂ ಗುಣಪಡಿಸು, ಕಷ್ಟದಲ್ಲಿರುವವರಿಗೆ ಸಮಾಧಾನವನ್ನು ದಯಪಾಲಿಸು.” ಪ್ರಾರ್ಥನೆಯಾಗಿ ಇದರಲ್ಲಿ ಏನೂ ತಪ್ಪಿಲ್ಲ. ಆದರೆ ಎಡಪುಟದ ಒಂದು ವಿವರವೂ ಬಲಪುಟಕ್ಕೆ ದಾಟಿಲ್ಲ. ಕೈ ಇಲ್ಲ, ಫೋನು ಇಲ್ಲ, ತಮ್ಮನಿಲ್ಲ. ಬರೆದದ್ದು ಕೀರ್ತನೆಯ ದಾರಿ ಹಿಡಿದಿದೆಯೇ ಎಂದು ನೋಡಲು ನಾವು ಬಳಸುವ ಪರೀಕ್ಷೆ ಇದೊಂದೇ: ಎಡಪುಟದ ಕನಿಷ್ಠ ಮೂರು ವಸ್ತುಗಳಾದರೂ ಬಲಪುಟದಲ್ಲಿ ಕಾಣಬೇಕು. ಇನ್ನೊಬ್ಬರ ಡೈರಿಯಲ್ಲಿ ಹಾಕಿದರೂ ಹೊಂದಿಕೊಳ್ಳುವ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯಬೇಕು.

ಎರಡನೆಯ ಸಲ ಬರೆಯುವ ಮುನ್ನ ಸಾಲು ಕಟ್ಟುವ ರೀತಿಯನ್ನು ತಿಳಿದಿರಬೇಕು. ಹೀಬ್ರೂ ಕೀರ್ತನೆಗಳಲ್ಲಿ ನಮ್ಮ ಸ್ತುತಿಗೀತೆಗಳಂತೆ ಅಂತ್ಯಪ್ರಾಸವಿರುವುದು ನಿಯಮವಲ್ಲ. ಅಲ್ಲಿ ಪ್ರಾಸ ಬೀಳುವುದು ಅರ್ಥಕ್ಕೆ: ಒಂದು ಸಾಲು ಹೇಳಿದ್ದನ್ನು ಅದರ ಜೋಡಿ ಸಾಲು ಎತ್ತಿಕೊಂಡು ಮುಂದುವರಿಸುತ್ತದೆ, ಇಲ್ಲವೇ ಎದುರಿಗೊಂದು ಮಾತನ್ನು ನಿಲ್ಲಿಸುತ್ತದೆ. ಈ ಸಮಾಂತರ ರಚನೆಯನ್ನು 1753ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ರಾಬರ್ಟ್ ಲೌತ್ ಎಂಬ ಇಂಗ್ಲಿಷ್ ವಿದ್ವಾಂಸರು ವಿವರಿಸಿದ ಮೇಲೆ ಅದು ಎಲ್ಲ ಅಭ್ಯಾಸಿಗಳಿಗೂ ಪರಿಚಿತವಾಯಿತು. ಇದು ಭಾಷಾಂತರದಲ್ಲಿ ಕಳೆದುಹೋಗುವುದಿಲ್ಲ, ಆದ್ದರಿಂದಲೇ ಕನ್ನಡದಲ್ಲಿ ಓದುವ ನಮಗೂ ಅನುಕರಿಸಲು ಸಾಧ್ಯ. ಹೊಸಬರು ಎಡವುವುದು ಎರಡನೆಯ ಸಾಲಿನಲ್ಲಿ. “ನಾನು ದುಃಖದಲ್ಲಿದ್ದೇನೆ, ನಾನು ಶೋಕದಲ್ಲಿದ್ದೇನೆ” ಎಂದರೆ ಪದ ಬದಲಾಯಿತೇ ಹೊರತು ಮಾತು ಮುಂದೆ ಹೋಗಲಿಲ್ಲ. ಜೋಡಿ ಸಾಲು ಮೊದಲನೆಯದಕ್ಕಿಂತ ಒಂದು ಹೆಜ್ಜೆ ಹತ್ತಿರ ಬರಬೇಕು: ಒಟ್ಟಾರೆ ಮಾತಿನಿಂದ ಕಣ್ಣಿಗೆ ಕಾಣುವ ವಸ್ತುವಿಗೆ, ಹಗಲಿನಿಂದ ರಾತ್ರಿಗೆ, ಹೊರಗಿನಿಂದ ಒಳಗೆ.

ಅಕ್ಕನವರು ತಿದ್ದಿ ಬರೆದದ್ದು ಇದು:

ಕರ್ತನೇ, ನಿನ್ನ ಮೌನ ಇನ್ನೆಷ್ಟು ದಿನ?
ಅಮ್ಮನ ನಾಲಗೆಯಲ್ಲಿ ನನ್ನ ಹೆಸರು ಇನ್ನೆಷ್ಟು ದಿನ ತಡವರಿಸಬೇಕು?
ಹಗಲು ಕಚೇರಿಯಲ್ಲಿ ರಜೆಗಾಗಿ ಕಾಯುತ್ತೇನೆ,
ರಾತ್ರಿ ಪ್ರಾರ್ಥನೆಗೆ ಕೂತು ಟಿಕೆಟಿನ ಲೆಕ್ಕ ಹಾಕುತ್ತೇನೆ.
ನನ್ನ ಕಡೆ ನೋಡು, ಉತ್ತರ ಕೊಡು;
ಅವಳ ಬಲಗೈಗೆ ಬಲ ಕೊಡು, ಅವಳನ್ನು ಎತ್ತುವ ತಮ್ಮನ ತೋಳಿಗೆ ವಿಶ್ರಾಂತಿ ಕೊಡು.
ಇಲ್ಲವಾದರೆ ‘ಅಕ್ಕ ಬರಲೇ ಇಲ್ಲ’ ಎಂಬ ಮಾತು ಮನೆಯಲ್ಲಿ ಉಳಿದೀತು,
ನಾನು ಹೋಗಿ ಸೇರುವ ಹೊತ್ತಿಗೆ ಅವಳಿಗೆ ನನ್ನ ಗುರುತೂ ಸಿಗದೆ ಹೋದೀತು.
ನಾನಾದರೋ, ಅಪ್ಪ ತೀರಿಕೊಂಡ ವರ್ಷ ನೀನು ನಮ್ಮ ಒಲೆ ಆರಗೊಡಲಿಲ್ಲವೆಂಬುದನ್ನು ಹಿಡಿದುಕೊಂಡಿದ್ದೇನೆ;
ಈ ರಾತ್ರಿ ಹಾಡಲು ನನ್ನ ಬಳಿ ಅಷ್ಟೇ ಇದೆ.

ಇಲ್ಲಿ ‘ನಿನ್ನ ಮೌನ’ ಎಂಬ ಒಟ್ಟಾರೆ ಮಾತಿನ ಪಕ್ಕದಲ್ಲೇ ತಾಯಿಯ ನಾಲಗೆ ಬಂದಿರುವುದನ್ನು ನೋಡಿ. ಬೇಡಿಕೆಯಲ್ಲಿ ತಮ್ಮನ ತೋಳು ಸೇರಿರುವುದು ನನಗೆ ಬಹಳ ಹಿಡಿಸಿತು, ಏಕೆಂದರೆ ಎಡಪುಟದಲ್ಲಿ ಅವನು ಸಿಟ್ಟಿನವನಾಗಿ ಮಾತ್ರ ಇದ್ದ. ‘ಇಲ್ಲವಾದರೆ’ ಎಂಬ ಭಾಗವನ್ನು ಬರೆಯಲು ಹಲವರು ಹಿಂಜರಿಯುತ್ತಾರೆ, ದೇವರಿಗೆ ಕಾರಣ ಹೇಳುವುದು ಉದ್ಧಟತನವಾದೀತೆಂದು. 13ನೇ ಕೀರ್ತನೆಯ ನಾಲ್ಕನೆಯ ವಚನದಲ್ಲಿ ‘ಸೋಲಿಸಿದೆನೆಂದು ವೈರಿ ಹೇಳಿಕೊಂಡಾನು’ ಎಂಬ ಭಾವದ ಮಾತಿರುವಾಗ ನಮಗೆ ಆ ಸಂಕೋಚ ಬೇಕಿಲ್ಲ. ಬರೆಯುವವರು ನಿಜವಾಗಿ ಯಾವುದಕ್ಕೆ ಹೆದರಿದ್ದಾರೆಂಬುದು ಹೊರಬೀಳುವುದೂ ಈ ಭಾಗದಲ್ಲಿಯೇ. ಅಕ್ಕನವರ ಎಡಪುಟದಲ್ಲಿ ಗುರುತು ಸಿಗದೆ ಹೋಗುವ ಭಯದ ಪ್ರಸ್ತಾಪವೇ ಇರಲಿಲ್ಲ.

ಇನ್ನು ತಿರುವಿನ ವಿಷಯ. 13ನೇ ಕೀರ್ತನೆಯಲ್ಲಿ ನಾಲ್ಕನೆಯ ವಚನಕ್ಕೂ ಐದನೆಯದಕ್ಕೂ ನಡುವೆ ದೇವರು ಉತ್ತರ ಕೊಟ್ಟನೆಂದು ಎಲ್ಲಿಯೂ ಹೇಳಿಲ್ಲ. ಹಾಗಾಗಿ ಭರವಸೆಯ ಮಾತು ಬರೆಯಲು ಪರಿಸ್ಥಿತಿ ಸುಧಾರಿಸುವವರೆಗೆ ಕಾಯಬೇಕಿಲ್ಲ. ಆದರೆ ಅದಕ್ಕೊಂದು ಆಧಾರ ಬೇಕು, ಆಧಾರವಿಲ್ಲದ ತಿರುವು ಓದುವಾಗಲೇ ಟೊಳ್ಳೆಂದು ಗೊತ್ತಾಗುತ್ತದೆ. 77ನೇ ಕೀರ್ತನೆಯವನು, ದೇವರು ಕರುಣಿಸುವುದನ್ನೇ ಮರೆತನೇ ಎಂದು ಕೇಳಿದ ಮೇಲೆ, ಪೂರ್ವಕಾಲದ ಕಾರ್ಯಗಳನ್ನು ನೆನೆದು ಸಮುದ್ರದ ನಡುವಿನ ದಾರಿಯವರೆಗೂ ಹಿಂದಕ್ಕೆ ಹೋಗುತ್ತಾನೆ. ನಮಗೂ ಹಾಗೆ ಹಿಂದಕ್ಕೆ ಹೋಗಲು ಹಳೆಯ ಪುಟಗಳಿವೆ. ಡೈರಿಯನ್ನು ಬಿಡದೆ ಇಡುವುದರ ದೊಡ್ಡ ಉಪಯೋಗ ಇದೇ ಎನ್ನಬೇಕು. ಮೇಲಿನ ಪ್ರಾರ್ಥನೆಯಲ್ಲಿ ಒಲೆಯ ಸಾಲು ಬಂದದ್ದು ನೆನಪಿನಿಂದ. ಡೈರಿ ಹಳೆಯದಾದಂತೆ ಇಂಥ ಸಾಲುಗಳು ತಾರೀಖಿನೊಂದಿಗೇ ಸಿಗುತ್ತವೆ. ಎಷ್ಟು ಹುಡುಕಿದರೂ ಆ ದಿನ ಏನೂ ಸಿಗದಿದ್ದರೆ ತಿರುವನ್ನು ಬರೆಯದೆ ನಿಲ್ಲಿಸಬಹುದು. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನೂ ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ.

ತಿದ್ದುವಾಗ ಇನ್ನೊಂದು ದೋಷಕ್ಕೆ ಕಣ್ಣಿಡಬೇಕು. ಅರ್ಧ ದಾರಿಯಲ್ಲಿ ‘ನೀನು’ ಹೋಗಿ ‘ಆತನು’ ಬಂದು, ‘ಆತನು ತನ್ನ ಮಕ್ಕಳನ್ನು ಎಂದಿಗೂ ಕೈಬಿಡನು’ ಎಂಬ ಉಪದೇಶ ಶುರುವಾಗುವುದುಂಟು. ಕೀರ್ತನೆಗಳಲ್ಲೂ ದೇವರ ಕುರಿತು ಹೇಳುವ ಸಾಲುಗಳಿವೆ ನಿಜ, 13ರ ಕೊನೆಯ ವಚನವೇ ಹಾಗಿದೆ. ಆದರೆ ಹೊಸಬರ ಬರಹದಲ್ಲಿ ಇದು ಬಹುಮಟ್ಟಿಗೆ ದೂರು ಹೇಳಲು ಹೆದರಿ ಜಾರಿಕೊಂಡದ್ದರ ಗುರುತು. ಅಂಥ ಸಾಲನ್ನು ‘ನೀನು’ ಎಂದು ತಿದ್ದಿ ಗಟ್ಟಿಯಾಗಿ ಓದಿದಾಗ ಬಾಯಿಗೆ ಬರದಿದ್ದರೆ ಅದನ್ನು ಬಿಡುವುದೇ ಒಳ್ಳೆಯದು.

ಮುಂಬಯಿಯ ಒಂದು ಖೋಲಿಯ ಸಂಸಾರದಲ್ಲಿ ಡೈರಿ ಯಾರ ಕೈಗಾದರೂ ಸಿಗುವಂಥದ್ದು. ಆದ್ದರಿಂದ ಎಡಪುಟದಲ್ಲಿ ಜನರ ಹೆಸರಿನ ಬದಲು ಒಂದಕ್ಷರ ಹಾಕಿ. ಗುಂಪಿನಲ್ಲಿ ಓದುವುದಿದ್ದರೆ ಬಲಪುಟವನ್ನು ಮಾತ್ರ, ಅದೂ ಅದರಲ್ಲಿ ಬಂದವರು ಕೇಳಿಸಿಕೊಂಡರೂ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ, ಓದಿ.

ಬರೆದು ಮುಗಿದ ಬಲಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು. ಮುಂದೆ ಏನಾಯಿತೆಂಬುದನ್ನು, ಕೇಳಿದ್ದು ಸಿಕ್ಕಿದ್ದರೂ ಸಿಗದಿದ್ದರೂ ಬೇರೆ ರೀತಿಯಲ್ಲಿ ಬಂದಿದ್ದರೂ, ತಾರೀಖಿನೊಂದಿಗೆ ಬೇರೆ ಬಣ್ಣದ ಶಾಯಿಯಲ್ಲಿ ಅಲ್ಲಿ ಬರೆಯುವುದು. ಮೇಲಿನ ದೂರಿನ ಸಾಲುಗಳನ್ನು ಆಗ ಮೃದುಗೊಳಿಸಬಾರದು, ಏಕೆಂದರೆ ಅವು ಮತ್ತೆ ಬೇಕಾಗುತ್ತವೆ. 30ನೇ ಕೀರ್ತನೆ ಕೃತಜ್ಞತೆಯದು; ಅದರ ಒಂಬತ್ತು ಮತ್ತು ಹತ್ತನೆಯ ವಚನಗಳಲ್ಲಿ ಕೀರ್ತನೆಗಾರನು ಕಷ್ಟದಲ್ಲಿದ್ದಾಗ ತಾನು ಕೂಗಿಕೊಂಡ ಮಾತುಗಳನ್ನೇ, ನಾನು ಸತ್ತರೆ ನಿನಗೇನು ಲಾಭ ಎಂಬ ಆ ಒರಟು ಪ್ರಶ್ನೆಯನ್ನೂ ಸೇರಿಸಿ, ಮತ್ತೊಮ್ಮೆ ಉದ್ಧರಿಸುತ್ತಾನೆ. ಎರಡನೆಯ ಕೀರ್ತನೆಯಾಗಿ ಕೃತಜ್ಞತೆಯದನ್ನು ಬರೆಯಲು ಹೊರಡುವವರು ಇದೇ ಕ್ರಮವನ್ನು ಹಿಡಿಯಬಹುದು: ಹಳೆಯ ಬಲಪುಟದಿಂದ ಎರಡು ದೂರಿನ ಸಾಲುಗಳನ್ನು ಅಕ್ಷರ ಬದಲಿಸದೆ ಎತ್ತಿ ನಡುವೆ ಇಟ್ಟು, ಅವುಗಳ ಮುಂಚೆ ಅಂದಿನ ಸ್ಥಿತಿಯನ್ನೂ ನಂತರ ಇಂದಿನದನ್ನೂ ಜೋಡಿ ಸಾಲುಗಳಲ್ಲಿ ಬರೆಯುವುದು.