ಮೂವತ್ತನೆಯ ಸಂಪುಟ ಬರೆದವರು ಯಾರು?

ಹತ್ತನೇ ಶತಮಾನ ಮುಗಿಯುತ್ತಿದ್ದ ಕಾಲ. ಇರಾನಿನ ಶಿರಾಜ್‌ನಲ್ಲಿ ಬುವೈಹಿ ದೊರೆ ಬಹಾ ಅಲ್ ದೌಲಾನ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದವನ ಹೆಸರು ಇಬ್ನ್ ಅಲ್ ಬವ್ವಾಬ್. ಹೆಸರಿನ ಅರ್ಥವೇ 'ಬಾಗಿಲು ಕಾಯುವವನ ಮಗ'. ಮೊದಲು ಮನೆಗಳ ಗೋಡೆಗೆ ಚಿತ್ತಾರ ಬರೆಯುತ್ತಿದ್ದ, ಆಮೇಲೆ ಅಕ್ಷರದ ಕಡೆ ಬಂದವನು. ಒಂದು ದಿನ ಬೇಡದ ಪುಸ್ತಕಗಳ ರಾಶಿಯಲ್ಲಿ ಕಪ್ಪು ರಟ್ಟಿನ ಒಂದು ಸಂಪುಟ ಅವನ ಕೈಗೆ ಸಿಕ್ಕಿತು. ತೆರೆದು ನೋಡಿದರೆ ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು, ಅದೂ ಇಬ್ನ್ ಮುಕ್ಲಾನ ಕೈಬರಹದಲ್ಲಿ. ಮುಕ್ಲಾ ಸತ್ತು ಅಷ್ಟೊತ್ತಿಗೆ ಅರ್ಧ ಶತಮಾನ ಆಗಿತ್ತು. ಅವನ ಬರಹಕ್ಕೆ ಬಂಗಾರದ ಬೆಲೆ. ಬವ್ವಾಬ್ ಇಡೀ ಭಂಡಾರ ಹುಡುಕಿದ. ಇಪ್ಪತ್ತೊಂಬತ್ತು ಸಿಕ್ಕವು. ಒಂದು ಸಿಗಲೇ ಇಲ್ಲ.

ಅದನ್ನು ನೀನೇ ಬರೆದು ಸೇರಿಸು ಅಂದ ದೊರೆ. ಬವ್ವಾಬ್ ಒಂದು ಕರಾರು ಹಾಕಿದ. ಯಾವುದು ನಾನು ಬರೆದದ್ದು ಅಂತ ನಿಮಗೆ ಗುರುತು ಸಿಗದಿದ್ದರೆ ನನಗೆ ಒಂದು ಗೌರವದ ನಿಲುವಂಗಿ, ನೂರು ದಿನಾರ್. ದೊರೆ ಒಪ್ಪಿದ. ಬವ್ವಾಬ್ ಭಂಡಾರದಲ್ಲಿದ್ದ ಹಳೇ ಕಾಗದದಲ್ಲೇ ಹೊಂದುವಂಥದ್ದನ್ನು ಆರಿಸಿದ. ಬರೆದ, ಚಿನ್ನ ಹಚ್ಚಿದ, ಚಿನ್ನಕ್ಕೆ ಹಳೇ ಬಣ್ಣ ಬರಿಸಿದ. ಹಳೇ ಸಂಪುಟವೊಂದರ ರಟ್ಟು ಬಿಚ್ಚಿ ತನ್ನದಕ್ಕೆ ಕಟ್ಟಿದ. ಆ ಹಳೇ ಸಂಪುಟಕ್ಕೆ ಹೊಸ ರಟ್ಟು ಹಾಕಿ ಅದನ್ನೂ ಹಳೇದಾಗಿ ಕಾಣಿಸಿದ. ಸುಮಾರು ಒಂದು ವರ್ಷದ ಮೇಲೆ ದೊರೆ ಕೇಳಿದಾಗ ಮೂವತ್ತನ್ನೂ ತಂದಿಟ್ಟ. ದೊರೆ ಒಂದೊಂದೇ ತಿರುವಿ ನೋಡಿದ. ಗುರುತು ಹತ್ತಲಿಲ್ಲ.

ಈ ಕತೆ ನಮಗೆ ಸಿಗುವುದು ಯಾಕೂತ್ ಅಲ್ ಹಮವಿ ಎಂಬ ಲೇಖಕ ಬರೆದಿಟ್ಟ ಜೀವನಚರಿತ್ರೆಗಳಲ್ಲಿ. ರಟ್ಟು ಬದಲಿಸುವ ಜಾಣತನ ಇರಲಿ, ನನಗೆ ಕುತೂಹಲ ಇರುವುದು ಬೇರೆ ಕಡೆ. ಒಬ್ಬನ ಕೈಬರಹವನ್ನು ಇನ್ನೊಬ್ಬ ಇಡೀ ಒಂದು ಸಂಪುಟ ಹೀಗೆ ತೆಗೆಯಲು ಸಾಧ್ಯವಾದದ್ದು ಹೇಗೆ? ಉತ್ತರ ಒಂದು ಚುಕ್ಕೆಯಲ್ಲಿದೆ. ಆ ಚುಕ್ಕೆ ಬಂದ ದಾರಿ ಮಾತ್ರ ಸ್ವಲ್ಪ ಉದ್ದ.

ಮೊದಮೊದಲ ಕುರ್‌ಆನ್ ಪ್ರತಿಗಳಲ್ಲಿ ಚುಕ್ಕೆ ಬಹಳ ಕಮ್ಮಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅಂಥ ಎರಡು ಹಾಳೆಗಳಿವೆ. ಅವುಗಳ ಚರ್ಮ 568ರಿಂದ 645ರ ನಡುವಿನದು ಎಂದು ಇಂಗಾಲದ ಪರೀಕ್ಷೆ ಹೇಳಿದೆ. ಹಿಜಾಜಿ ಎಂದು ಕರೆಯುವ ಲಿಪಿ ಅದು. ತೆಳ್ಳಗಿನ ಅಕ್ಷರ, ಎಲ್ಲವೂ ಬಲಕ್ಕೆ ವಾಲಿಕೊಂಡಿವೆ. ಅರಬ್ಬಿಯಲ್ಲಿ ಗೆರೆಯ ಮೇಲೆ ಒಂದು ಪುಟ್ಟ ಹಲ್ಲಿನಂಥ ಆಕಾರ ಇದೆ. ಕೆಳಗೆ ಒಂದು ಚುಕ್ಕೆ ಇಟ್ಟರೆ ಅದು 'ಬ'. ಮೇಲೆ ಒಂದು ಇಟ್ಟರೆ 'ನ', ಎರಡು ಇಟ್ಟರೆ 'ತ'. ಕೆಳಗೆ ಎರಡಾದರೆ 'ಯ'. ಚುಕ್ಕೆ ಇಲ್ಲದಿದ್ದರೆ? ಓದುವವನೇ ಊಹಿಸಬೇಕು. ಅದರ ಮೇಲೆ ಹ್ರಸ್ವ ಸ್ವರಗಳಿಗೆ ಗುರುತೇ ಇಲ್ಲ. ಕಾಗುಣಿತ ಬಿಟ್ಟು ಕನ್ನಡ ಬರೆದ ಹಾಗೆ: 'ಕಲ' ಅಂತ ಬರೆದರೆ ಕಲೆಯೋ, ಕುಲವೋ, ಕೆಲವೋ ನೀವೇ ಹೇಳಬೇಕು.

ಆಗ ಇದು ದೊಡ್ಡ ತೊಂದರೆ ಆಗಿರಲಿಲ್ಲ. ಓದುವವನಿಗೆ ಪಾಠ ಬಾಯಿಗೆ ಬರುತ್ತಿತ್ತು. ಹಾಳೆ ಇದ್ದದ್ದು ನೆನಪಿಗೆ ಆಸರೆಯಾಗಿ. ಅರಬ್ಬಿ ಮನೆಮಾತಲ್ಲದವರು ಮುಸ್ಲಿಮರಾದಂತೆಲ್ಲ ತಪ್ಪು ಓದು ಹೆಚ್ಚಿತು. ಇದಕ್ಕೆ ಮೊದಲು ಪರಿಹಾರ ಹುಡುಕಿದವನು ಬಸ್ರಾದ ಅಬುಲ್ ಅಸ್ವದ್ ಅದ್ದುಅಲಿ ಎಂದು ಪರಂಪರೆ ಹೇಳುತ್ತದೆ. ಅಕ್ಷರದ ಮೇಲೆ ಕೆಂಪು ಚುಕ್ಕೆ ಇಟ್ಟರೆ 'ಅ', ಕೆಳಗಿಟ್ಟರೆ 'ಇ', ಪಕ್ಕದಲ್ಲಿಟ್ಟರೆ 'ಉ'. ಕೆಂಪೇ ಯಾಕೆ ಅಂದರೆ, ಕಪ್ಪು ಶಾಯಿಯಲ್ಲಿರುವುದು ಹಿಂದಿನಿಂದ ಬಂದ ಪಾಠ, ಅದಕ್ಕೆ ಯಾರೂ ಏನೂ ಸೇರಿಸುವ ಹಾಗಿಲ್ಲ. ಓದಲು ಅನುಕೂಲಕ್ಕೆ ಇಟ್ಟದ್ದು ಕಣ್ಣಿಗೆ ಬೇರೆಯಾಗಿಯೇ ಕಾಣಬೇಕು.

ಎಂಟನೇ ಶತಮಾನದಲ್ಲಿ ವ್ಯಾಕರಣಕಾರ ಖಲೀಲ್ ಇಬ್ನ್ ಅಹ್ಮದ್ ಇದಕ್ಕಿಂತ ಸಲೀಸಾದ ದಾರಿ ತೋರಿಸಿದ. 'ಉ'ಗೆ ಪುಟಾಣಿ ವಾವ್ ಅಕ್ಷರ, 'ಅ'ಗೆ ಓರೆಯಾಗಿ ಮಲಗಿಸಿದ ಪುಟಾಣಿ ಅಲಿಫ್. ಇವತ್ತು ಮದರಸಾದ ಮಕ್ಕಳು ಕಲಿಯುವ ಜಬರ್, ಪೇಶ್‌ಗಳ ಮೂಲ ಇದೇ. ಆದರೆ ಕುರ್‌ಆನ್ ನಕಲು ಮಾಡುವವರು ಇದನ್ನು ಬಹಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಇದು ಕಾವ್ಯದ ಪುಸ್ತಕಕ್ಕೆ ಸರಿ, ಮುಸ್‌ಹಫ್‌ಗೆ ಕೆಂಪು ಚುಕ್ಕೆಯೇ ಇರಲಿ ಅಂದರು. ಮುಸ್‌ಹಫ್ ಅಂದರೆ ಕುರ್‌ಆನಿನ ಲಿಖಿತ ಪ್ರತಿ. ಅರಬ್ಬಿ ಲಿಪಿಯ ಕತೆಯಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಹೊಸದು ಹುಟ್ಟುವುದು ಹೊರಗೆ. ಧರ್ಮಗ್ರಂಥದ ಬಾಗಿಲಲ್ಲಿ ಅದು ನೂರಾರು ವರ್ಷ ಕಾಯುತ್ತದೆ. ಒಮ್ಮೆ ಒಳಗೆ ಬಂದರೆ ಮಾತ್ರ ಮತ್ತೆ ಅಲುಗುವುದಿಲ್ಲ.

ಆ ಕಾಲದ ಮುಸ್‌ಹಫ್‌ನ ಲಿಪಿಗೆ ಕೂಫಿ ಎಂಬ ಹೆಸರು ನಿಂತಿದೆ, ಅದೆಲ್ಲ ಕೂಫಾ ಊರಲ್ಲೇ ಬರೆದದ್ದಲ್ಲದಿದ್ದರೂ. ದಪ್ಪ ಗೆರೆ, ಕುಳ್ಳ ಅಕ್ಷರ, ಅಡ್ಡಕ್ಕೆ ಉದ್ದುದ್ದ ಎಳೆತ. ಪುಟವೂ ಅಡ್ಡ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಪದವನ್ನೇ ಮುರಿದು ಮಿಕ್ಕದ್ದನ್ನು ಮುಂದಿನ ಸಾಲಿಗೆ ಹಾಕುತ್ತಿದ್ದರು. ಈಗಿನ ಮುಸ್‌ಹಫ್‌ನಲ್ಲಿ ಹೀಗೆ ಕಾಣುವುದಿಲ್ಲ. ದಮಾಸ್ಕಸ್‌ನ ಅಧಿಪತಿ ಅಮಾಜೂರ್ 876ರಲ್ಲಿ ಟೈರ್ ಊರಿನ ಮಸೀದಿಗೆ ಕೊಟ್ಟ ಪ್ರತಿ ಇದಕ್ಕೆ ಒಳ್ಳೇ ಉದಾಹರಣೆ. ಪುಟಕ್ಕೆ ಮೂರೇ ಸಾಲು! ಇಡೀ ಗ್ರಂಥ ಮೂವತ್ತು ಸಂಪುಟ. ಅಷ್ಟೂ ಚರ್ಮದ ಹಾಳೆ. ಎಷ್ಟು ಕುರಿಗಳು ಬೇಕಾಗಿರಬಹುದು, ಅಲ್ವಾ? ಇದು ಓದುವುದಕ್ಕಿಂತ ಜಾಸ್ತಿ ನೋಡುವುದಕ್ಕೆ ಮಾಡಿದ್ದು ಅಂತ ನನಗನ್ನಿಸುತ್ತದೆ.

ಅದೇ ಹೊತ್ತಿಗೆ ಬಾಗ್ದಾದ್‌ನ ಸರ್ಕಾರಿ ಕಚೇರಿಗಳಲ್ಲಿ ಬೇರೆಯೇ ಬರಹ ನಡೆದಿತ್ತು. ಎಂಟನೇ ಶತಮಾನದ ಕೊನೆಯಿಂದ ಅಲ್ಲಿ ಕಾಗದ ಸಿಗುತ್ತಿತ್ತು. ಗುಮಾಸ್ತನಿಗೆ ದಿನಕ್ಕೆ ಹತ್ತಾರು ಪತ್ರ ಮುಗಿಸಬೇಕು, ಅವನು ಕೂಫಿ ಹಿಡಿದು ಕೂತರೆ ಆಗುತ್ತದೆಯೇ? ಅವನ ಅಕ್ಷರ ದುಂಡು, ಓಟದ್ದು. ಒಬ್ಬೊಬ್ಬರದು ಒಂದೊಂದು ಥರ. ಈ ಕಚೇರಿ ಲೋಕದಲ್ಲಿ ಬೆಳೆದವನೇ ಇಬ್ನ್ ಮುಕ್ಲಾ. ಮೂವರು ಖಲೀಫರ ಬಳಿ ವಜೀರನಾಗಿದ್ದ. ಕೊನೆಗೆ ರಾಜಕೀಯದಲ್ಲಿ ಸೋತ. ಅವನ ಬಲಗೈ ಕಡಿದರು. 940ರಲ್ಲಿ ಸೆರೆಮನೆಯಲ್ಲೇ ಸತ್ತ. ಕಡಿದ ಕೈಗೆ ಲೇಖನಿ ಕಟ್ಟಿಕೊಂಡು ಬರೆಯುತ್ತಿದ್ದ ಅಂತಲೂ ಹೇಳುತ್ತಾರೆ.

ಅವನ ಹೆಸರಿನಲ್ಲಿ ಉಳಿದದ್ದು ಒಂದು ಅಳತೆ. ಜೊಂಡಿನ ಲೇಖನಿಯ ತುದಿಯನ್ನು ಚೂರಿಯಲ್ಲಿ ಅಗಲವಾಗಿ ಕತ್ತರಿಸಿರುತ್ತಾರೆ. ಅದನ್ನು ಓರೆಯಾಗಿ ಕಾಗದಕ್ಕೆ ಒತ್ತಿ ಒಂಚೂರು ಎಳೆದರೆ ಒಂದು ಚೌಕ ಮೂಡುತ್ತದೆ, ಮೂಲೆಯ ಮೇಲೆ ನಿಂತ ಚೌಕ, ಇಸ್ಪೀಟಿನ ಡೈಮಂಡ್ ಥರ. ಅದೇ ನುಕ್ತಾ, ಚುಕ್ಕೆ. ಹಿಂದೆ ಓದಲು ದಾರಿ ತೋರಿಸಿದ್ದ ಚುಕ್ಕೆ ಈಗ ಅಳತೆಗೋಲು ಆಯಿತು. ನೆಟ್ಟಗೆ ನಿಲ್ಲುವ ಅಲಿಫ್ ಇಷ್ಟು ಚುಕ್ಕೆ ಎತ್ತರ ಇರಬೇಕು. ಆ ಎತ್ತರವನ್ನೇ ವ್ಯಾಸ ಮಾಡಿ ಒಂದು ವೃತ್ತ ಬರೆದರೆ, ಬಾಗುವ ಅಕ್ಷರಗಳೆಲ್ಲ ಅದರ ಒಂದೊಂದು ತುಂಡು. ಲೇಖನಿ ದಪ್ಪವಾದರೆ ಚುಕ್ಕೆ ದೊಡ್ಡದಾಗುತ್ತದೆ, ಅದರ ಜೊತೆ ಎಲ್ಲವೂ ಅದೇ ಲೆಕ್ಕದಲ್ಲಿ ಹಿಗ್ಗುತ್ತದೆ. ಅಂಗೈ ಅಗಲದ ಪುಟಕ್ಕೂ ಮಸೀದಿಯ ಗೋಡೆಗೂ ಒಂದೇ ಲೆಕ್ಕ.

ಸುಲುಸ್ ಎಂಬ ಲಿಪಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಅಲಿಫ್‌ಗೆ ಸಾಮಾನ್ಯವಾಗಿ ಏಳು ಚುಕ್ಕೆ. ಶಿಷ್ಯ ಬರೆದು ತಂದ ಅಲಿಫ್ ಏನೋ ಗಿಡ್ಡ ಕಾಣುತ್ತದೆ. ಗುರು ವಾದ ಮಾಡುವುದಿಲ್ಲ. ಅದೇ ಲೇಖನಿ ತೆಗೆದುಕೊಂಡು ಪಕ್ಕದಲ್ಲಿ ಒಂದರ ಮೇಲೊಂದು ಚುಕ್ಕೆ ಜೋಡಿಸುತ್ತಾ ಹೋಗುತ್ತಾನೆ. ಆರಕ್ಕೇ ಅಕ್ಷರ ಮುಗಿಯಿತು. ತಪ್ಪು ಎಲ್ಲಿದೆ ಅಂತ ಶಿಷ್ಯನೇ ಎಣಿಸಿಕೊಳ್ಳಬಹುದು. ಬವ್ವಾಬ್ ಕೈಗೆ ಸಿಕ್ಕ ಕೀಲಿ ಇದೇ. ಮುಕ್ಲಾ ಯಾವ ಲೆಕ್ಕದಲ್ಲಿ ಬರೆದಿದ್ದನೋ ಅದು ಗೊತ್ತಿದ್ದರೆ ಬರಹವನ್ನು ಮತ್ತೆ ಕಟ್ಟಬಹುದು. ಹಾಗಂತ ಲೆಕ್ಕ ಗೊತ್ತಿದ್ದವರೆಲ್ಲ ಬವ್ವಾಬ್ ಆಗಲಿಲ್ಲ. ಚುಕ್ಕೆಯ ಲೆಕ್ಕ ಎತ್ತರ ಹೇಳುತ್ತದೆ, ಅಗಲ ಹೇಳುತ್ತದೆ. ಬಾಗುವಾಗ ಲೇಖನಿಯನ್ನು ಎಷ್ಟು ತಿರುಗಿಸಬೇಕು, ಎಲ್ಲಿ ಹಗುರ ಮಾಡಬೇಕು ಅನ್ನುವುದು ಕೈಗೆ ಕೂರಬೇಕು. ಮುಕ್ಲಾನ ಲೆಕ್ಕಕ್ಕೆ ಚೆಲುವು ತಂದವನು ಬವ್ವಾಬ್ ಎಂದು ಹಳಬರು ಹೇಳುವುದು ಇದಕ್ಕೇ.

ಬವ್ವಾಬ್ 64 ಮುಸ್‌ಹಫ್ ಬರೆದ ಎಂದು ಹೇಳುತ್ತಾರೆ. ಅವುಗಳಲ್ಲಿ ಉಳಿದದ್ದು ಒಂದೇ. ಬಾಗ್ದಾದ್‌ನಲ್ಲಿ ಹಿಜರಿ 391ರಲ್ಲಿ, ಅಂದರೆ 1000-1001ರಲ್ಲಿ ಮುಗಿಸಿದ್ದು. ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಮಾಜೂರ್ ಪ್ರತಿಯ ಪಕ್ಕ ಇದನ್ನಿಟ್ಟು ನೋಡಿದರೆ ನೂರಿಪ್ಪತ್ತೈದು ವರ್ಷದಲ್ಲಿ ಏನೇನು ಬದಲಾಯಿತು ಅಂತ ತಿಳಿಯುತ್ತದೆ. ಚರ್ಮ ಹೋಗಿ ಕಾಗದ ಬಂತು. ಅಡ್ಡ ಪುಟ ಎದ್ದು ನಿಂತಿತು. ಮೂವತ್ತು ಸಂಪುಟದ ಪಾಠ ಕೈಯಲ್ಲಿ ಹಿಡಿಯುವಂಥ ಒಂದೇ ಪುಸ್ತಕದಲ್ಲಿ, 286 ಹಾಳೆಯಲ್ಲಿ ಕೂತಿತು. ಲಿಪಿ ನಸ್ಖ್, ಅದೇ ದುಂಡು ಬರಹದ ಕುಲದ್ದು. ಸ್ವರಗಳಿಗೆ ಖಲೀಲನ ಪುಟಾಣಿ ಅಕ್ಷರಗಳು. ಇನ್ನೊಂದು ತಮಾಷೆ ಇದೆ. ಮೊದಲ ಕೆಲವು ಅಲಂಕಾರದ ಪುಟಗಳಲ್ಲಿ ಲೆಕ್ಕ ಬರೆದಿದ್ದಾರೆ: ಅಧ್ಯಾಯ 114, ವಚನ 6236, ಆಮೇಲೆ ಪದ ಎಷ್ಟು, ಅಕ್ಷರ ಎಷ್ಟು, ಕೊನೆಗೆ ಚುಕ್ಕೆ ಎಷ್ಟು. ಚುಕ್ಕೆಗಳೇ ಒಂದೂವರೆ ಲಕ್ಷ ದಾಟುತ್ತವೆ. ನಾನೂರು ವರ್ಷ ಹಿಂದೆ ಇದ್ದೂ ಇಲ್ಲದಂತಿದ್ದ ಚುಕ್ಕೆ ಈಗ ಎಣಿಸಿಡುವ ವಸ್ತು.

ಮುಂದಿನ ಮುನ್ನೂರು ವರ್ಷದಲ್ಲಿ ಆರು ಲಿಪಿಗಳ ಪಟ್ಟಿ ಗಟ್ಟಿಯಾಯಿತು. ಅದಕ್ಕೆ ಕೊನೆಯ ರೂಪ ಕೊಟ್ಟವನು 1298ರಲ್ಲಿ ತೀರಿಕೊಂಡ ಯಾಕೂತ್ ಅಲ್ ಮುಸ್ತಅಸಿಮಿ. ಲೇಖನಿಯ ತುದಿಯನ್ನು ಓರೆಯಾಗಿ ಕತ್ತರಿಸುವ ರೂಢಿ ಅವನದು ಎನ್ನುತ್ತಾರೆ. ದಪ್ಪ ಗೆರೆ, ತೆಳು ಗೆರೆ ಎರಡೂ ಹಾಗೆ ಚೆನ್ನಾಗಿ ಬೇರೆಯಾಗುತ್ತವೆ. ಆರರಲ್ಲಿ ದೊಡ್ಡ ಮುಸ್‌ಹಫ್‌ಗೆ ಮುಹಕ್ಕಕ್, ಸಣ್ಣದಕ್ಕೆ ನಸ್ಖ್, ಅಧ್ಯಾಯದ ತಲೆಬರಹಕ್ಕೂ ಗೋಡೆಗೂ ಸುಲುಸ್. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಕಿಟಕಿಯ ಕಲ್ಲಿನ ಜಾಲರಿಯನ್ನು ಒಂದು ಸಲ ನಿಂತು ನೋಡಬೇಕು. ಅರಬ್ಬಿ ಅಕ್ಷರಗಳೇ ಅಲ್ಲಿ ಜಾಲರಿ, ನಡುವಿನ ಕಿಂಡಿಯಲ್ಲಿ ಬೆಳಕು ಬರುತ್ತದೆ. ಅಂದಹಾಗೆ ನಮ್ಮ ಕಲಮು, ಕಾಗದ, ದೌತಿ, ಶಾಯಿ ಎಲ್ಲವೂ ಈ ಅರಬ್ಬಿ, ಪಾರಸಿ ಬರಹದ ಲೋಕದಿಂದಲೇ ಬಂದ ಮಾತುಗಳು.

ಆಟೊಮನ್ ತುರ್ಕರ ಕೈಗೆ ಬಂದ ಮೇಲೆ ಕಾಗದವೂ ಬದಲಾಯಿತು. ಮೊಟ್ಟೆಯ ಬಿಳಿಗೆ ಪಟಿಕ ಸೇರಿಸಿ ಕಾಗದಕ್ಕೆ ಬಳಿದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ದೀಪದ ಮಸಿಗೆ ಗೋಂದು ಸೇರಿಸಿದ ಶಾಯಿ ಅದರೊಳಗೆ ಇಳಿಯುವುದಿಲ್ಲ, ಮೇಲೇ ಕೂರುತ್ತದೆ. ತಪ್ಪಾದರೆ ಒದ್ದೆ ಬೆರಳಲ್ಲೋ ನಾಲಿಗೆಯಲ್ಲೋ ಒರೆಸಿ ಮತ್ತೆ ಬರೆಯಬಹುದು. ಕಲಿಕೆ ಮುಗಿದ ಶಿಷ್ಯನಿಗೆ ಗುರು ಇಜಾಜಾ, ಅಂದರೆ ಅನುಮತಿ ಕೊಡುತ್ತಿದ್ದ. ಅಲ್ಲಿಂದಾಚೆಗೆ ಮಾತ್ರ ಬರಹದ ಕೆಳಗೆ ತನ್ನ ಹೆಸರು ಹಾಕುವ ಹಕ್ಕು.

ಅಚ್ಚು ಬಂದ ಮೇಲೂ ಕೈಬರಹ ಹೋಗಲಿಲ್ಲ. ಇವತ್ತು ಮದೀನಾದಲ್ಲಿ ಅಚ್ಚಾಗಿ ಜಗತ್ತಿಗೆಲ್ಲ ಹೋಗುವ ಮುಸ್‌ಹಫ್ ಸಿರಿಯಾದ ಉಸ್ಮಾನ್ ತಾಹಾ ಕೈಯಲ್ಲಿ ಬರೆದದ್ದು, ನಸ್ಖ್‌ನಲ್ಲೇ. 604 ಪುಟ, ಪುಟಕ್ಕೆ 15 ಸಾಲು. ಪ್ರತಿ ಪುಟವೂ ವಚನ ಮುಗಿಯುವಲ್ಲೇ ಮುಗಿಯುತ್ತದೆ. ಕಂಠಪಾಠ ಮಾಡುವವರಿಗೆ ಅದರಿಂದ ಬಹಳ ಅನುಕೂಲ, ಪುಟದ ಚಿತ್ರವೇ ಮನಸ್ಸಲ್ಲಿ ನಿಲ್ಲುತ್ತದೆ.

ಶಿರಾಜ್‌ನ ಮೂವತ್ತು ಸಂಪುಟ ಏನಾಯಿತು? ಗುರುತು ಸಿಗದೆ ಸೋತ ದೊರೆ, ಈ ಗುಟ್ಟು ನಮ್ಮಿಬ್ಬರಲ್ಲೇ ಇರಲಿ ಅಂದ. ಮುಕ್ಲಾನ ಬರಹ ಎಂದು ತಕರಾರಿಲ್ಲದೆ ಒಪ್ಪುವಂಥದ್ದು ಇವತ್ತು ಒಂದೂ ಉಳಿದಿಲ್ಲ. ಇನ್ನು ಆ ನಿಲುವಂಗಿ, ನೂರು ದಿನಾರ್. ಬವ್ವಾಬ್ ಕೇಳಿದಾಗಲೆಲ್ಲ ದೊರೆ ಇವತ್ತು ನಾಳೆ ಅಂತ ಮುಂದೂಡಿದ. ಕೊನೆಗೆ ಬವ್ವಾಬ್, ಅದು ಬೇಡ, ಭಂಡಾರದಲ್ಲಿ ಬಿದ್ದಿರುವ ಹಳೇ ಖಾಲಿ ಕಾಗದ ಕೊಡಿ ಸಾಕು ಅಂದ. ದೊರೆ ಖುಷಿಯಾಗಿ ಒಪ್ಪಿದ. ಚೀನಾದಿಂದ ಬಂದ ಒಳ್ಳೊಳ್ಳೆ ಕಾಗದವೆಲ್ಲ ಅದರಲ್ಲಿತ್ತು. ಬವ್ವಾಬ್ ಅದನ್ನು ಹೊತ್ತು ತಂದು ವರ್ಷಗಟ್ಟಲೆ ಬರೆದ.