ಹಿಂದೆ ಎಲೆಗಳ ರಾಶಿ, ಮುಂದೆ ಹಾರುವ ಕೂದಲು: ಮಾಸ್ಕ್ ಮಾಡುವ ಬಗೆ

ಫೋಟೋಶಾಪ್‌ನಲ್ಲಿ ಕೂದಲಿನ ಬಣ್ಣ ಬದಲಿಸಬೇಕೆಂದರೆ ಮೊದಲು ಮಾಸ್ಕ್ ಬೇಕು, ಅಂದರೆ ಬಣ್ಣ ತಾಗಬೇಕಾದ ಕಡೆ ಬಿಳಿ, ಉಳಿದ ಕಡೆ ಕಪ್ಪು ಇರುವ ಚಿತ್ರ. ಬಿಳಿ ಗೋಡೆಯ ಮುಂದೆ ನಿಂತವರ ಕಪ್ಪು ಕೂದಲಿಗೆ ಅದನ್ನು ಮಾಡುವುದು ಎರಡು ನಿಮಿಷದ ಕೆಲಸ. ಒಂದು ಚಾನೆಲ್ ನಕಲು ಮಾಡಿ ಲೆವೆಲ್ಸ್ ಎಳೆದರೆ ಮುಗಿಯಿತು. ಅದೇ ವ್ಯಕ್ತಿ ಮರದ ಮುಂದೆ ನಿಂತು, ಹಿಂದಿನ ಎಲೆಗಳ ಮೇಲೆ ಅಲ್ಲಲ್ಲಿ ಬಿಸಿಲು ಬಿದ್ದಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಒಂದೇ ಎಳೆ ಬಿಸಿಲು ಬಿದ್ದ ಎಲೆಯ ಮೇಲೆ ಹಾದಾಗ ಕಪ್ಪಾಗಿ ಕಾಣುತ್ತದೆ, ಎಲೆಗಳ ನಡುವಿನ ನೆರಳಿನ ಮೇಲೆ ಹಾದಾಗ ಬೆಳ್ಳಗೆ ಹೊಳೆಯುತ್ತದೆ, ನಡುವೆ ಎಲ್ಲೋ ಒಂದೆಡೆ ಕಾಣುವುದೇ ಇಲ್ಲ.

ಇಂಥ ಚಿತ್ರಕ್ಕೆ ಹೆಚ್ಚಿನವರು ಮೊದಲು ಹಿಡಿಯುವುದು Select and Mask ಒಳಗಿನ Refine Edge ಬ್ರಷ್. ಅದು ಕೂದಲನ್ನೂ ಹಿನ್ನೆಲೆಯನ್ನೂ ಬೇರ್ಪಡಿಸುವುದು ಎರಡರ ಬಣ್ಣ, ಹೊಳಪುಗಳ ವ್ಯತ್ಯಾಸದ ಮೇಲೆ. ಹಿನ್ನೆಲೆಯೇ ಅಡಿಗೊಂದು ಬಣ್ಣ ಬದಲಿಸಿದಾಗ ಎಲೆಯ ಅಂಚನ್ನೂ ಕೂದಲೆಂದೇ ತಿಳಿಯುತ್ತದೆ. ಮಾಸ್ಕ್ ನೋಡಿದರೆ ತಲೆಯ ಸುತ್ತ ಹೊಗೆ ಕವಿದಂತಿರುತ್ತದೆ. ಬಣ್ಣ ಹಾಕಿದ ಮೇಲೆ ಆ ಹೊಗೆಯೇ ತಾಮ್ರದ ಬಣ್ಣದ ಪ್ರಭಾವಳಿಯಾಗಿ ನಿಲ್ಲುತ್ತದೆ.

ಹಾಗಾದರೆ ಎಳೆಯನ್ನು ಯಾವುದರಿಂದ ಗುರುತಿಸುವುದು? ದಪ್ಪದಿಂದ. ಹಿನ್ನೆಲೆ ಫೋಕಸ್‌ನಲ್ಲಿಲ್ಲದ ಭಾವಚಿತ್ರದಲ್ಲಿ ಎಲೆಗಳೆಲ್ಲ ಮಸುಕಾಗಿ ಅಗಲವಾದ ಕಲೆಗಳಾಗಿರುತ್ತವೆ. ಅಷ್ಟು ಸಣ್ಣ, ಅಷ್ಟು ಚೂಪಾದ ಗೆರೆ ಎಂದರೆ ಕೂದಲು ಮಾತ್ರ. ಅಗಲವಾದದ್ದನ್ನೆಲ್ಲ ಅಳಿಸಿ ಸಣ್ಣ ಗೆರೆಯನ್ನು ಮಾತ್ರ ಉಳಿಸುವ ಫಿಲ್ಟರ್ ಫೋಟೋಶಾಪ್‌ನಲ್ಲಿ ಹಿಂದಿನಿಂದಲೂ ಇದೆ: ಹೈ ಪಾಸ್. ಚಿತ್ರವನ್ನು ಶಾರ್ಪ್ ಮಾಡಲು ಅದನ್ನು ಎಲ್ಲರೂ ಬಳಸುತ್ತಾರೆ, ಮಾಸ್ಕ್‌ಗೆ ಬಳಸುವವರು ಕಡಿಮೆ.

ಅದರ ಕೆಲಸ ಸರಳ. ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ ಪ್ರತಿ ಪಿಕ್ಸೆಲ್‌ನಿಂದ ಅದರ ಸುತ್ತಲಿನ ಸರಾಸರಿಯನ್ನು ಕಳೆದು, ಉಳಿದದ್ದಕ್ಕೆ 128 ಸೇರಿಸುತ್ತದೆ. ಸುತ್ತಲಿನಂತೆಯೇ ಇರುವ ಜಾಗವೆಲ್ಲ ನಡು ಬೂದು ಬಣ್ಣಕ್ಕೆ ಇಳಿಯುತ್ತದೆ. ಎಲೆ ಬಿಸಿಲಿನದ್ದಾದರೂ ನೆರಳಿನದ್ದಾದರೂ ಒಂದೇ.

ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. 24 ಮೆಗಾಪಿಕ್ಸೆಲ್ ಭಾವಚಿತ್ರ, ಕಡು ಕಂದು ಕೂದಲನ್ನು ತಾಮ್ರದ ಬಣ್ಣಕ್ಕೆ ತರಬೇಕು. 300% ಹಿಗ್ಗಿಸಿ ಎಣಿಸಿದರೆ ಹಾರುವ ಎಳೆಗಳು ಸುಮಾರು 3 ಪಿಕ್ಸೆಲ್ ಅಗಲ ಇವೆ. ರಾ ಫೈಲನ್ನು 16 ಬಿಟ್‌ನಲ್ಲೇ ತೆರೆಯಿರಿ; ಏಕೆಂಬುದು ಲೆವೆಲ್ಸ್ ಹಂತದಲ್ಲಿ ತಿಳಿಯುತ್ತದೆ.

ಚಾನೆಲ್ಸ್ ಪ್ಯಾನೆಲ್‌ನಲ್ಲಿ ಹಸಿರು ಚಾನೆಲನ್ನು ನಕಲು ಮಾಡಿ. ಹಸಿರೇ ಏಕೆಂದರೆ ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ಕೆಂಪು, ನೀಲಿಗಳ ಎರಡರಷ್ಟು ಹಸಿರು ಬಿಂದುಗಳಿರುತ್ತವೆ, ಸಣ್ಣ ಎಳೆಯ ವಿವರ ಅಲ್ಲೇ ಚೆನ್ನಾಗಿ ಉಳಿದಿರುತ್ತದೆ. ನೀಲಿಯಲ್ಲಿ ಸಾಮಾನ್ಯವಾಗಿ ಕಾಳು, ಅಂದರೆ ನಾಯ್ಸ್‌ನ ಚುಕ್ಕಿಗಳು, ಹೆಚ್ಚು. ನಕಲಿನ ಮೇಲೆ 0.5 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಆಮೇಲೆ Filter > Other > High Pass. ತ್ರಿಜ್ಯ ಎಳೆಯ ಅಗಲದ ಒಂದೂವರೆಯಿಂದ ಎರಡು ಪಟ್ಟು, ಇಲ್ಲಿ 5 ಪಿಕ್ಸೆಲ್. ಸಂಖ್ಯೆಗಿಂತ ಕಣ್ಣನ್ನೇ ನಂಬುವುದು ಮೇಲು. ತ್ರಿಜ್ಯ ತೀರಾ ಕಡಿಮೆಯಾದರೆ ಎಳೆಗಿಂತ ಕಾಳುಗಳೇ ಎದ್ದು ಕಾಣುತ್ತವೆ, ಹೆಚ್ಚಾದರೆ ಎಲೆಗಳ ಕಲೆ ಮತ್ತೆ ಮೂಡತೊಡಗುತ್ತದೆ. ಕಲೆ ಮೂಡುವುದಕ್ಕೆ ತುಸು ಮೊದಲೇ ನಿಲ್ಲಿಸಿ.

ಈಗ ಚಾನೆಲ್ ಪೂರ್ತಿ ಬೂದು. ಬಿಸಿಲಿನ ಎಲೆಯ ಮೇಲಿದ್ದ ಎಳೆಗಳು ಕಪ್ಪು ಗೆರೆಗಳಾಗಿ, ನೆರಳಿನ ಮೇಲಿದ್ದವು ಬಿಳಿ ಗೆರೆಗಳಾಗಿ ಕಾಣುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಎತ್ತಬೇಕು. ಈ ಚಾನೆಲನ್ನು ಇನ್ನೊಂದು ನಕಲು ಮಾಡಿ, ಒಂದಕ್ಕೆ 'ಕಪ್ಪೆಳೆ', ಇನ್ನೊಂದಕ್ಕೆ 'ಬಿಳಿಯೆಳೆ' ಎಂದು ಹೆಸರಿಡಿ. ಕಪ್ಪೆಳೆಯನ್ನು ಇನ್ವರ್ಟ್ ಮಾಡಿ, ಅಲ್ಲಿಗೆ ಎರಡರಲ್ಲೂ ನಮಗೆ ಬೇಕಾದ ಎಳೆ ಬಿಳಿಯಾಯಿತು.

ಲೆವೆಲ್ಸ್‌ನ ಅಂಕಿಗಳು ಎಲ್ಲಿಂದ ಬರುತ್ತವೆ ನೋಡಿ. ಬಿಸಿಲಿನ ಎಲೆ 150, ಅದರ ಮೇಲಿನ ಎಳೆ 105, ಸುತ್ತಲಿನ ಸರಾಸರಿ ಸುಮಾರು 140 ಎಂದುಕೊಳ್ಳೋಣ. 105ರಲ್ಲಿ 140 ಕಳೆದು 128 ಸೇರಿಸಿದರೆ 93, ಇನ್ವರ್ಟ್ ಮಾಡಿದಾಗ 162. ಹಾಗಾಗಿ ಕಪ್ಪು ಗುಂಡಿ 140, ಬಿಳಿ ಗುಂಡಿ 165. ಬೂದು ಪೂರ್ತಿ ಕಪ್ಪಾಗುತ್ತದೆ, ಎಳೆ ಬಹುತೇಕ ಬಿಳಿಯಾಗುತ್ತದೆ. ತುದಿಗಳು ಕಡಿದು ಹೋದರೆ ನಡುವಿನ ಗುಂಡಿಯನ್ನು 1.2ರ ಸುತ್ತ ಇಡಿ. ಎಳೆಯ ತುದಿ ಪೂರ್ತಿ ಬಿಳಿಯಾಗಬೇಕಿಲ್ಲ, ಅಲ್ಲಿ ಅರ್ಧ ಕೂದಲು, ಅರ್ಧ ಹಿನ್ನೆಲೆ ಬೆರೆತಿರುತ್ತವೆ. ಮಾಸ್ಕ್ ಕೂಡ ಅಲ್ಲಿ ಬೂದಾಗಿಯೇ ಇರಬೇಕು.

ಇಲ್ಲಿ ನಾವು 25 ಮೆಟ್ಟಿಲುಗಳನ್ನು 255ಕ್ಕೆ ಹಿಗ್ಗಿಸಿದೆವು, ಅಂದರೆ ಹತ್ತು ಪಟ್ಟು. 8 ಬಿಟ್‌ನಲ್ಲಿ ಎಳೆಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದು ಇದಕ್ಕೇ. ಕಾಳು ಕೂಡ ಹತ್ತು ಪಟ್ಟು ಹಿಗ್ಗುತ್ತದೆ. ಹೆಚ್ಚಿನ ಐಎಸ್‌ಒದಲ್ಲಿ ತೆಗೆದ ಚಿತ್ರವಾದರೆ ಮಾಸ್ಕ್‌ನಲ್ಲಿ ಗೆರೆಗಳ ನಡುವೆ ಚುಕ್ಕಿಗಳ ಹಿಟ್ಟು ಚೆಲ್ಲಿದಂತಾಗುತ್ತದೆ. ಆಗ ಕಪ್ಪು ಗುಂಡಿಯನ್ನು 145ಕ್ಕೆ ಏರಿಸಿ, ಕೆಲವು ಎಳೆ ಕಳೆದುಕೊಂಡರೂ ಚಿಂತೆಯಿಲ್ಲ.

ಮುಂದಿನದು ಬೇಲಿ ಹಾಕುವ ಕೆಲಸ. ಹೈ ಪಾಸ್‌ಗೆ ಕೂದಲು ಯಾವುದು, ರೆಪ್ಪೆ ಯಾವುದು, ಬಟ್ಟೆಯ ನೂಲು ಯಾವುದು ಎಂದು ತಿಳಿಯದು. ಹೊಸ ಚಾನೆಲ್ ತೆರೆದು ಪೂರ್ತಿ ಕಪ್ಪು ತುಂಬಿ, ಎಳೆಗಳು ಹಾರುವ ಕಡೆ ಮಾತ್ರ ಮೆತ್ತನೆಯ ಬಿಳಿ ಬ್ರಷ್‌ನಿಂದ ಪಟ್ಟಿ ಬಳಿಯಿರಿ. ಆಮೇಲೆ ಕಪ್ಪೆಳೆ ಚಾನೆಲ್ ಆರಿಸಿ, Image > Apply Image, ಚಾನೆಲ್ ಜಾಗದಲ್ಲಿ ಆ ಪಟ್ಟಿ, ಬ್ಲೆಂಡಿಂಗ್ Multiply. ಪಟ್ಟಿಯ ಹೊರಗಿನದೆಲ್ಲ ಮಾಯ.

ಎರಡು ಚಾನೆಲ್‌ಗೂ ಒಂದೇ ಪಟ್ಟಿ ಸಾಲದು, ಇದನ್ನು ಮರೆತರೆ ಮುಂದೆ ಪೇಚು. ಹೈ ಪಾಸ್ ಕಪ್ಪು ಗೆರೆಯ ಎರಡೂ ಪಕ್ಕದಲ್ಲಿ ತೆಳುವಾದ ಬಿಳಿ ಅಂಚು ಹುಟ್ಟಿಸುತ್ತದೆ, ಅದು ಬಿಳಿಯೆಳೆ ಚಾನೆಲ್‌ನಲ್ಲಿ ಸುಳ್ಳು ಕೂದಲಾಗಿ ನಿಲ್ಲಬಹುದು. ಒಂದು ಎಳೆಯ ಪಕ್ಕಕ್ಕೆ ಸಮಾನಾಂತರವಾಗಿ ಇನ್ನೆರಡು ಗೆರೆ ಓಡುತ್ತಿದ್ದರೆ ಅದು ಇದೇ. ಬಿಳಿಯೆಳೆಯ ಪಟ್ಟಿಯನ್ನು ಹಿನ್ನೆಲೆ ಕತ್ತಲಾಗಿರುವ ಕಡೆ ಮಾತ್ರ, ಕಪ್ಪೆಳೆಯದನ್ನು ಬೆಳಕಿರುವ ಕಡೆ ಮಾತ್ರ ಬಳಿದರೆ ಈ ತಂಟೆಯಿಲ್ಲ.

ಇನ್ನು ಕೂದಲಿನ ದಟ್ಟ ಭಾಗ. ಹೈ ಪಾಸ್‌ನಲ್ಲಿ ದಪ್ಪ ಜೊಂಪೆ ಟೊಳ್ಳಾಗಿ ಬರುತ್ತದೆ, ಅಂಚು ಮಾತ್ರ ಬಿಳಿ, ಒಳಗೆ ಖಾಲಿ. ಹಾಗಾಗಿ ಅದಕ್ಕೆ ಬೇರೆಯದೇ ಮಾಸ್ಕ್ ಬೇಕು. ಕ್ವಿಕ್ ಸೆಲೆಕ್ಷನ್‌ನಲ್ಲಿ ಕೂದಲು ಹಿಡಿದು, ಹಿನ್ನೆಲೆ ಒಂಚೂರೂ ಇಣುಕದ ಗಡಿಯವರೆಗೆ ಒಳಕ್ಕೆ ಸರಿಸಿ, 3 ಪಿಕ್ಸೆಲ್ ಫೆದರ್ ಕೊಟ್ಟು ಚಾನೆಲ್ ಆಗಿ ಉಳಿಸಿ. ಇದಕ್ಕೆ 'ಒಡಲು' ಎನ್ನೋಣ. ಒಡಲಿನ ಅಂಚು ಪಟ್ಟಿಯೊಳಗೆ 15–20 ಪಿಕ್ಸೆಲ್ ನುಗ್ಗಿರಲಿ, ಇಲ್ಲದಿದ್ದರೆ ಎಳೆಗೂ ತಲೆಗೂ ನಡುವೆ ಬಣ್ಣ ತಾಗದ ಕಂದು ಗೆರೆ ಉಳಿಯುತ್ತದೆ.

ಜೋಡಿಸುವಾಗ ಒಂದು ಎಚ್ಚರ. ಬಣ್ಣದ ಲೇಯರ್‌ಗಳನ್ನು ಒಡಲಿಗೊಂದು, ಎಳೆಗೊಂದು ಎಂದು ಬೇರೆ ಬೇರೆ ಗ್ರೂಪ್ ಮಾಡಿದರೆ, ಎರಡೂ ಮಾಸ್ಕ್ ಒಂದರ ಮೇಲೊಂದು ಬೀಳುವಲ್ಲಿ ಬಣ್ಣ ಎರಡು ಸಲ ತಾಗುತ್ತದೆ, ಅಂಚಿನಲ್ಲಿ ಕೆಂಪು ಉಕ್ಕುತ್ತದೆ. ಆದ್ದರಿಂದ ಒಡಲು ಚಾನೆಲ್‌ಗೆ ಕಪ್ಪೆಳೆಯನ್ನು ಅಪ್ಲೈ ಇಮೇಜ್‌ನಲ್ಲೇ Lighten ಬ್ಲೆಂಡಿಂಗ್‌ನಿಂದ ಸೇರಿಸಿ ಒಂದೇ ಮಾಸ್ಕ್ ಮಾಡಿ. ಬಿಳಿಯೆಳೆಯಿಂದ ಈ ಕೂಡಿಸಿದ ಮಾಸ್ಕನ್ನು ಕಳೆಯಬೇಕು: Multiply, ಜೊತೆಗೆ Invert ಗುರುತು.

ಬಿಳಿಯೆಳೆಯನ್ನು ಪ್ರತ್ಯೇಕವಾಗಿಯೇ ಇಡುವುದಕ್ಕೆ ಕಾರಣವಿದೆ. ಕಡು ಕಂದನ್ನು ತಾಮ್ರಕ್ಕೆ ತರಲು ಮೊದಲು ಕರ್ವ್ಸ್‌ನಲ್ಲಿ ಅದರ ಹೊಳಪನ್ನು ಎತ್ತಬೇಕು. ಕತ್ತಲಾದ ಕೂದಲಿನ ಮೇಲೆ ಬರೀ ಹ್ಯೂ ತಿರುಗಿಸಿದರೆ ಏನೂ ಕಾಣದು. ಆದರೆ ಹಿಂದಿನಿಂದ ಬೆಳಕು ಬಿದ್ದ ಬಿಳಿಯೆಳೆ ಆಗಲೇ ಹೊಳೆಯುತ್ತಿದೆ. ಅದನ್ನೂ ಎತ್ತಿದರೆ ತಂತಿಯಾಗುತ್ತದೆ. ಅದಕ್ಕೆ ಹ್ಯೂ ಬದಲಾವಣೆ ಮಾತ್ರ, ಅದೂ ಗ್ರೂಪ್ ಅಪಾಸಿಟಿ 60–70ರಲ್ಲಿ. ಕಪ್ಪೆಳೆಗೆ ಇದರ ತದ್ವಿರುದ್ಧ ತೊಡಕು: ಎತ್ತಿದಾಗ ಅದು ಬಿಸಿಲಿನ ಎಲೆಯ ಹೊಳಪಿಗೇ ಸಮನಾಗಿ ಕರಗಿಹೋಗಬಹುದು. ಕರ್ವ್ಸ್ ಲೇಯರ್‌ನ ಸ್ವಂತ ಮಾಸ್ಕ್‌ನಲ್ಲಿ ಆ ಅಂಚನ್ನು 40% ಬೂದಿಗೆ ಇಳಿಸಿದರೆ ಎಳೆ ಉಳಿಯುತ್ತದೆ.

ಪರೀಕ್ಷೆಗೆ ತಾಮ್ರದ ಬಣ್ಣ ಬೇಡ, ಅದು ತಪ್ಪನ್ನು ಮುಚ್ಚಿಡುತ್ತದೆ. ಗಾಢ ಮಜೆಂಟಾದ ಸಾಲಿಡ್ ಕಲರ್ ಲೇಯರನ್ನು Color ಮೋಡ್‌ನಲ್ಲಿಟ್ಟು ಅದೇ ಮಾಸ್ಕ್ ಹಾಕಿ 100% ಹಿಗ್ಗುವಿಕೆಯಲ್ಲಿ ನೋಡಿ. ಎಲೆಯ ಮೇಲೆ ಗುಲಾಬಿ ಮಂಜು ಕಂಡರೆ ಮಾಸ್ಕ್‌ನ ಕಪ್ಪು ಗುಂಡಿ ಇನ್ನೂ ಏರಬೇಕು. ಗುಲಾಬಿ ಗೆರೆಯ ನಡುವೆ ಕಂದು ತುಂಡುಗಳು ಕಂಡರೆ ಅಲ್ಲಿ ಎಳೆ ಕಡಿದಿದೆ.

ಕಡಿದ ಎಳೆಯನ್ನೆಲ್ಲ ಕಟ್ಟಲು ಕೂರಬೇಡಿ. ಬಣ್ಣ ಬದಲಿಸುವಾಗ ಹಿನ್ನೆಲೆ ಅಲ್ಲೇ ಇರುತ್ತದೆ. ಹಿನ್ನೆಲೆಯಲ್ಲಿ ಕಣ್ಣಿಗೇ ಕಾಣದ ಎಳೆಗೆ ಬಣ್ಣವೂ ಬೇಕಿಲ್ಲ. ಕಾಣುತ್ತಲೂ ಇದ್ದು ಕಡಿದಿರುವ ನಾಲ್ಕಾರು ಉದ್ದ ಎಳೆಗಳನ್ನು 2 ಪಿಕ್ಸೆಲ್ ಬ್ರಷ್‌ನಿಂದ, ಬುಡದಿಂದ ತುದಿಗೆ ಒಂದೇ ಎಳೆತದಲ್ಲಿ ಮಾಸ್ಕ್ ಮೇಲೆ ಬರೆದರೆ ಸಾಕು. ಇದೇ ಕಾರಣಕ್ಕೆ ಬಣ್ಣದ ಕೆಲಸದಲ್ಲಿ Decontaminate Colors ಮುಟ್ಟಬಾರದು. ಅದು ಅಂಚಿನ ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುತ್ತದೆ, ಬೇರೆ ಹಿನ್ನೆಲೆಗೆ ಕತ್ತರಿಸಿ ಅಂಟಿಸುವವರಿಗೆ ಮಾತ್ರ ಅದರ ಉಪಯೋಗ.

ಕೇಶವಿನ್ಯಾಸವನ್ನೇ ಬದಲಿಸುವುದಾದರೆ ಮಾತು ಬೇರೆ. ಕೂದಲನ್ನು ಸರಿಸಿದ ಜಾಗದಲ್ಲಿ ಹಳೆಯ ಎಳೆಗಳು ಹಿಂದೆಯೇ ಉಳಿದಿರುತ್ತವೆ, ಸರಿಸಿದ ಎಳೆ ತನ್ನ ಜೊತೆ ಎಲೆಯ ಹಸಿರನ್ನೂ ಹೊತ್ತು ತರುತ್ತದೆ. ಮೊದಲು ಕೆಳಗಿನ ಲೇಯರ್‌ನಲ್ಲಿ ಕ್ಲೋನ್ ಸ್ಟಾಂಪ್‌ನಿಂದ ಕೂದಲಿಲ್ಲದ ಹಿನ್ನೆಲೆ ಕಟ್ಟಿಕೊಳ್ಳಬೇಕು. ಒಡಲನ್ನು ಮಾತ್ರ ಸರಿಸಿ, ಹಾರುವ ಎಳೆಗಳನ್ನು ಹೊಸದಾಗಿ ಬರೆಯುವುದೇ ಅಲ್ಲಿ ಬೇಗ ಮುಗಿಯುವ ದಾರಿ.

ಹಿನ್ನೆಲೆ ಚೂಪಾಗಿಯೇ ಇದ್ದರೆ ಈ ವಿಧಾನ ಕೈಕೊಡುತ್ತದೆ. ಹುಲ್ಲು, ಒಣ ರೆಂಬೆ, ತಂತಿ ಬಲೆ ಇವೆಲ್ಲ ಕೂದಲಿನಷ್ಟೇ ಸಣ್ಣ ಗೆರೆಗಳು. ಹೈ ಪಾಸ್ ಹಾಕಿದ ಚಾನೆಲ್‌ನಲ್ಲಿ ತಲೆಯಿಂದ ದೂರದಲ್ಲೂ ಗೆರೆಗಳು ತುಂಬಿದ್ದರೆ ಲೆವೆಲ್ಸ್‌ಗೆ ಹೋಗುವ ಮೊದಲೇ ಬಿಟ್ಟುಬಿಡಿ. ಆ ಭಾಗದ ಹಾರುವ ಎಳೆಗಳನ್ನು ಹೀಲಿಂಗ್ ಬ್ರಷ್‌ನಿಂದ ಅಳಿಸಿ, ಬಣ್ಣ ಹಾಕಿ ಮುಗಿದ ಮೇಲೆ ಹೊಸ ಬಣ್ಣದಲ್ಲೇ ಹತ್ತು ಹದಿನೈದು ಎಳೆ ಬರೆಯಿರಿ.