ಬೇಸಿಗೆಯ ಎರೆಮಣ್ಣಿನಲ್ಲಿ ಪೈಲ್ ಎಷ್ಟು ಬಾಗುತ್ತದೆ?

ದಾವಣಗೆರೆಯಿಂದ ಹರಿಹರದ ಕಡೆ ಹೋಗುವಾಗ ರಸ್ತೆ ಪಕ್ಕ ಎರೆ ಹೊಲಗಳು ಸಿಗುತ್ತವೆ. ಅಂಥದ್ದೊಂದು ಹೊಲದಲ್ಲಿ ಮೆಕ್ಕೆಜೋಳದ ಗೋದಾಮು ಕಟ್ಟುವ ಕೆಲಸ ನಮ್ಮ ಕೈಗೆ ಬಂತು. 24 ಮೀಟರ್ ಅಗಲದ ಕಬ್ಬಿಣದ ಚೌಕಟ್ಟು, ಮೇಲೆ ಶೀಟು. ಒಂದೊಂದು ಕಂಬದ ಕೆಳಗೆ ಒಂದೊಂದೇ ಪೈಲ್, ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬ. ಶೀಟಿನ ಗೋದಾಮು ಹಗುರ, ಹಾಗಾಗಿ ಕೆಳಮುಖ ಭಾರದ್ದು ಚಿಂತೆಯಿರಲಿಲ್ಲ. ಚಿಂತೆ ಅಡ್ಡ ತಳ್ಳುವ ಬಲದ್ದು. ಗಾಳಿ ಮತ್ತು ಚೌಕಟ್ಟು ಸೇರಿ ಪ್ರತಿ ಕಂಬದ ಬುಡದಲ್ಲಿ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್, ಅಡ್ಡಕ್ಕೆ ತಳ್ಳುತ್ತಿದ್ದವು. ಆ ಬಲ ಬೀಳುವ ಜಾಗ ನೆಲದಿಂದ ಅರ್ಧ ಮೀಟರ್ ಮೇಲೆ. ಉದ್ದಕ್ಕೆ ಪ್ಲಿಂತ್ ಬೀಮ್ ಇತ್ತು, ಅಡ್ಡಕ್ಕೆ ಇರಲಿಲ್ಲ. ಆ ದಿಕ್ಕಿನಲ್ಲಿ ಪೈಲಿನ ತಲೆಯನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ.

ನಮಗಿಂತ ಮೊದಲು ಯಾರೋ ಮಾಡಿಕೊಟ್ಟ ವಿನ್ಯಾಸದಲ್ಲಿ 450 ಮಿ.ಮೀ. ವ್ಯಾಸದ, 9 ಮೀಟರ್ ಉದ್ದದ, ನೆಲ ಕೊರೆದು ಹಾಕುವ ಬೋರ್ಡ್ ಪೈಲ್ ಇತ್ತು. ಲೆಕ್ಕ ಅಚ್ಚುಕಟ್ಟಾಗಿತ್ತು. ಗುಣಾಕಾರ, ಭಾಗಾಕಾರ ಎಲ್ಲೂ ತಪ್ಪಿರಲಿಲ್ಲ. ಅದನ್ನೇ ಮೊದಲು ನೋಡೋಣ.

ಇದರ ಹಿಂದಿನ ವಿಚಾರ ಸರಳ. ಪೈಲ್ ಅಂದರೆ ನಿಲ್ಲಿಸಿದ ಒಂದು ತೊಲೆ. ಅದರ ಪಕ್ಕಕ್ಕೆ ಮಣ್ಣಿನ ಬದಲು ಸಾಲಾಗಿ ಸ್ಪ್ರಿಂಗ್‌ಗಳಿವೆ ಅಂದುಕೊಳ್ಳಿ. ಪೈಲ್ ಎಷ್ಟು ಒತ್ತುತ್ತದೋ ಸ್ಪ್ರಿಂಗ್ ಅದಕ್ಕೆ ತಕ್ಕಷ್ಟು ಹಿಂದಕ್ಕೆ ತಳ್ಳುತ್ತದೆ. 1867ರಲ್ಲಿ ವಿಂಕ್ಲರ್ ಕೊಟ್ಟ ಕಲ್ಪನೆ ಇದು. ಸ್ಪ್ರಿಂಗ್ ಎಷ್ಟು ಬಿಗಿ ಅನ್ನುವುದಕ್ಕೆ 1955ರಲ್ಲಿ ಟೆರ್ಜಾಘಿ ಅಂಕಿಗಳನ್ನು ಕೊಟ್ಟರು. ನಮ್ಮ ಪೈಲ್ ಕೋಡ್ ಐಎಸ್ 2911 ಕೂಡ ಗಟ್ಟಿ ಜೇಡಿಗೆ ಇದೇ ದಾರಿಯಲ್ಲಿ ಹೋಗುತ್ತದೆ. ಮಣ್ಣಿನ ಒತ್ತಡ ತಾಳುವ ಶಕ್ತಿಯಿಂದ k1 ತೆಗೆದುಕೊಳ್ಳುತ್ತೇವೆ, ಅದನ್ನು ಪೈಲಿನ ಅಗಲಕ್ಕೆ ಹೊಂದಿಸಿ K ಮಾಡುತ್ತೇವೆ.

```
K  = (k1/1.5) * (0.3/B)      =>  KB = 0.2*k1
R  = (E*I / KB)^(1/4)
b  = 1 / (1.414*R)
y0 = (2*b/KB) * (H + b*M0)
s0 = (2*b^2/KB) * (H + 2*b*M0)
tan(b*z) = H / (H + 2*b*M0)
Mmax = exp(-b*z) * ((H/b)*sin(b*z) + M0*(sin(b*z)+cos(b*z)))
```

B ಪೈಲಿನ ಅಗಲ, EI ಪೈಲ್ ಬಾಗುವುದಕ್ಕೆ ಒಡ್ಡುವ ಬಿಗಿತ, H ಅಡ್ಡ ಬಲ. M0 ನೆಲಮಟ್ಟದಲ್ಲಿನ ಮೊಮೆಂಟ್, ಅಂದರೆ H ಅನ್ನು ಎತ್ತರದಿಂದ ಗುಣಿಸಿದ್ದು. y0 ನೆಲಮಟ್ಟದಲ್ಲಿ ಪೈಲ್ ಸರಿಯುವ ದೂರ, s0 ಅಲ್ಲಿನ ಓರೆ, z ಅತಿ ಹೆಚ್ಚು ಮೊಮೆಂಟ್ ಬರುವ ಆಳ. ಪೈಲಿನ ಉದ್ದ R ನ ಮೂರೂವರೆ ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ಈ ಸೂತ್ರ ನಡೆಯುತ್ತದೆ. ಅದಕ್ಕಿಂತ ಗಿಡ್ಡ ಪೈಲ್ ಬಾಗುವುದರ ಜೊತೆಗೆ ಬುಡಸಮೇತ ತಿರುಗಲು ಶುರುಮಾಡುತ್ತದೆ. ಅದರ ಲೆಕ್ಕವೇ ಬೇರೆ. ಮೊದಲ ಸಾಲಿನಲ್ಲಿ ಇನ್ನೊಂದು ವಿಷಯವಿದೆ: B ಹಾರಿಹೋಗುತ್ತದೆ. ಪೈಲ್ ದಪ್ಪ ಮಾಡಿದರೆ ಮಣ್ಣು ಹೆಚ್ಚು ಬಿಗಿಯಾಗುವುದಿಲ್ಲ. ಬಿಗಿಯಾಗುವುದು ಪೈಲ್ ಒಂದೇ.

ಈಗ ಗೋದಾಮಿನ ಅಂಕಿ. ಬೋರ್ ಲಾಗ್ ಪ್ರಕಾರ ಮಣ್ಣಿನ ಶಕ್ತಿ ಚದರ ಮೀಟರಿಗೆ 120 ಕಿಲೋನ್ಯೂಟನ್. ಕೋಡಿನ ಕೋಷ್ಟಕದಿಂದ k1 ಸುಮಾರು 21,600, ಹಾಗಾಗಿ KB 4,320. ಎಂ25 ಕಾಂಕ್ರೀಟಿನ 450 ಪೈಲಿಗೆ EI ಸುಮಾರು 50,300 (ಎಲ್ಲ ಕಿಲೋನ್ಯೂಟನ್, ಮೀಟರ್ ಅಳತೆಯಲ್ಲಿ). R ಬರುವುದು 1.85 ಮೀಟರ್, ಅದರ ಮೂರೂವರೆ ಪಟ್ಟು 6.5 ಮೀಟರ್. ಪೈಲ್ 9 ಮೀಟರ್ ಇದೆ, ಸರಿ. ನೆಲಮಟ್ಟದಲ್ಲಿ ಸರಿತ 4.2 ಮಿ.ಮೀ. ಅತಿ ಹೆಚ್ಚು ಮೊಮೆಂಟ್ ಸುಮಾರು 24 ಕಿಲೋನ್ಯೂಟನ್ ಮೀಟರ್, ಅದೂ 1.6 ಮೀಟರ್ ಆಳದಲ್ಲಿ. ಕೋಡಿನ ಐದು ಮಿ.ಮೀ. ಮಿತಿಯ ಒಳಗೇ ಇದೆ. ಹಿಂದಿನ ವಿನ್ಯಾಸಕಾರರು ಇಲ್ಲಿಗೆ ಸಹಿ ಹಾಕಿದ್ದರು.

ಸಾಮಾನ್ಯವಾಗಿ ಇಂಥ ಲೆಕ್ಕ ನೋಡಿದವರು ಮೊದಲು ಜಗಳ ತೆಗೆಯುವುದು k1 ಮೇಲೆ. "ಅಷ್ಟೊಂದು ತಗೊಂಡಿದ್ದೀರಲ್ಲ, ಅರ್ಧ ಹಿಡಿಯಿರಿ" ಅನ್ನುತ್ತಾರೆ. ಆಯ್ತು, ಅರ್ಧ ಹಿಡಿಯೋಣ. ಸರಿತ 4.2ರಿಂದ 6.9 ಮಿ.ಮೀ.ಗೆ ಏರುತ್ತದೆ. ಮೊಮೆಂಟ್ ಮಾತ್ರ 24ರಿಂದ 27. ಮಣ್ಣು ಅರ್ಧಕ್ಕೆ ಇಳಿದರೂ ಮೊಮೆಂಟ್ ಶೇಕಡಾ 13ರಷ್ಟೇ ಹೆಚ್ಚಿತು! ಯಾಕೆಂದರೆ R ನಲ್ಲಿ KB ಇರುವುದು ನಾಲ್ಕನೇ ಮೂಲದ ಒಳಗೆ. ಹಾಗಾಗಿ ಮಣ್ಣಿನ ಬಿಗಿತದ ಬಗ್ಗೆ ನನಗೆ ಅಂಥ ನಿದ್ದೆಗೇಡು ಇಲ್ಲ. ಕಂಬಿ ಎಷ್ಟು ಹಾಕಬೇಕು ಅನ್ನುವುದಕ್ಕಂತೂ ಅದು ಸಣ್ಣ ವಿಷಯ.

ನಿದ್ದೆಗೆಡಿಸಿದ್ದು ಬೇರೆ. ಬೋರ್ ಹೊಡೆದದ್ದು ಅಕ್ಟೋಬರಿನಲ್ಲಿ. ಆಗ ಹೊಲ ಹಸಿ, ನೆಲ ಕೂಡಿಕೊಂಡಿತ್ತು. ನಾನು ಮೊದಲ ಸಲ ಜಾಗ ನೋಡಲು ಹೋದದ್ದು ಏಪ್ರಿಲಿನಲ್ಲಿ. ಎರೆಹೊಲ ಬೇಸಿಗೆಯಲ್ಲಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಕಾಲಿಟ್ಟಲ್ಲೆಲ್ಲ ಬಿರುಕು. ಜೊತೆಗಿದ್ದ ಮೇಸ್ತ್ರಿ ಸುಮ್ನೆ ಒಂದು ಎಂಟು ಎಂಎಂ ಕಂಬಿಯ ತುಂಡು ತಗೊಂಡು ಒಂದು ಬಿರುಕಿಗೆ ಇಳಿಬಿಟ್ಟ.

"ಸಾರ್, ಒಳಗೇ ಹೋಗ್ತಾ ಇದೆ ನೋಡ್ರಿ" ಅಂದ.

ಹೊರಗೆ ತೆಗೆದು ಟೇಪ್ ಹಿಡಿದೆವು. 1.3 ಮೀಟರ್. ಪೈಲ್ ಹಾಕಿದ ಮೇಲೆ ಈ ಮಣ್ಣು ಮೊದಲು ಬಿಟ್ಟುಕೊಡುವುದು ಪೈಲಿನ ಮೈಯನ್ನೇ, ಅಲ್ವಾ? ಸುತ್ತ ಬಳೆಯಂತೆ ಸಂದು ಬೀಳುತ್ತದೆ. ಸಂದಿನಲ್ಲಿ ಸ್ಪ್ರಿಂಗ್ ಇಲ್ಲ. ಕೋಲಿನಿಂದ ಬಡಿದರೆ ಈ ಒಣ ಹೆಂಟೆ ಕಲ್ಲಿನ ಹಾಗೆ ಇರುತ್ತದೆ. ಬೇಸಿಗೆಯಲ್ಲಿ ಎಸ್‌ಪಿಟಿ ಅನ್ನುವ, ಸುತ್ತಿಗೆ ಬಡಿದು ಮಣ್ಣು ನೋಡುವ ಪರೀಕ್ಷೆ ಮಾಡಿದರೂ ಏಟಿನ ಸಂಖ್ಯೆ ಚೆನ್ನಾಗೇ ಬರುತ್ತದೆ. ಆದರೆ ಪೈಲಿಗೆ ತಾಗದ ಮಣ್ಣು ಎಷ್ಟು ಗಟ್ಟಿಯಿದ್ದು ಏನು ಬಂತು?

ಇನ್ನೂ ಒಂದು ಇದೆ. ನಮ್ಮಲ್ಲಿ ಶೀಟು ಹಾರಿಸುವ ಗಾಳಿ ಬರುವುದು ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ. ಏಪ್ರಿಲ್ ಕೊನೆ, ಮೇ ಶುರು. ಮೊದಲು ಗಾಳಿ, ಆಮೇಲೆ ಮಳೆ. ಬಿರುಕು ಅತಿ ಅಗಲವಾಗಿರುವಾಗಲೇ ಅಡ್ಡ ಬಲವೂ ಅತಿ ಜಾಸ್ತಿ ಇರುತ್ತದೆ. ಎರಡೂ ಒಟ್ಟಿಗೆ ಬರುವುದು ಅಪರೂಪ ಅಂತ ತಳ್ಳಿಹಾಕುವ ಹಾಗಿಲ್ಲ.

ಹಾಗಾಗಿ ಮೇಲಿನ 1.5 ಮೀಟರ್ ಮಣ್ಣು ಇಲ್ಲವೇ ಇಲ್ಲ ಅಂತ ಲೆಕ್ಕ ಮತ್ತೆ ಶುರುಮಾಡಿದೆ. ನೆಲಮಟ್ಟ ಕೆಳಗಿಳಿಯಿತು, ಬಲದ ಎತ್ತರ ಅರ್ಧ ಮೀಟರಿನಿಂದ 2 ಮೀಟರ್ ಆಯಿತು, M0 10ರಿಂದ 40ಕ್ಕೆ ಹೋಯಿತು. R ಅದೇ 1.85. ಮಣ್ಣಿನಲ್ಲಿ ಉಳಿದ ಉದ್ದ 7.5 ಮೀಟರ್, ಸೂತ್ರ ಇನ್ನೂ ನಡೆಯುತ್ತದೆ. ಹೊಸ ನೆಲಮಟ್ಟದಲ್ಲಿ ಸರಿತ 6.3 ಮಿ.ಮೀ. ಆದರೆ ಇಲ್ಲಿ ನಿಲ್ಲಬಾರದು, ಬಹಳ ಜನ ಇಲ್ಲೇ ನಿಲ್ಲುತ್ತಾರೆ. ನಮಗೆ ಬೇಕಾದದ್ದು ಪೈಲಿನ ತಲೆಯ ಸರಿತ. ಅದಕ್ಕೆ ಓರೆಯಿಂದ ಬರುವುದನ್ನೂ, ಬರಿಗಾಳಿಯಲ್ಲಿ ನಿಂತ ಒಂದೂವರೆ ಮೀಟರ್ ತುಂಡು ತಾನೇ ಬಾಗುವುದನ್ನೂ ಕೂಡಿಸಬೇಕು. ಓರೆಯಿಂದ 5.1, ತುಂಡಿನ ಬಾಗಿನಿಂದ 0.7. ಒಟ್ಟು 12 ಮಿ.ಮೀ. ಮೊದಲ ಲೆಕ್ಕದ ಸುಮಾರು ಮೂರು ಪಟ್ಟು. ಮೊಮೆಂಟ್ 24ರಿಂದ 49ಕ್ಕೆ, ಅಂದರೆ ಎರಡು ಪಟ್ಟು.

ಇಲ್ಲಿಗೂ ಮುಗಿಯಲಿಲ್ಲ. 450 ಪೈಲಿನ ಕಾಂಕ್ರೀಟ್ ಎಷ್ಟು ಮೊಮೆಂಟಿಗೆ ಬಿರುಕು ಬಿಡುತ್ತದೆ ಅಂತ ನೋಡಿದರೆ, ಕಾಂಕ್ರೀಟಿನ ಕೋಡ್ ಐಎಸ್ 456ರ ಪ್ರಕಾರ ಸುಮಾರು 31. ಮೊದಲ ಲೆಕ್ಕದ 24 ಅದರೊಳಗಿತ್ತು. ಈಗ 49. ಗಾಳಿ ಶೀಟನ್ನು ಮೇಲೆತ್ತುವಾಗ ಪೈಲಿನ ಮೇಲೆ ಅದುಮುವ ಭಾರವೂ ಇರುವುದಿಲ್ಲ, ಹಾಗಾಗಿ ಅದರಿಂದ ಸಿಗಬೇಕಾದ ಸಹಾಯವೂ ಇಲ್ಲ. ಕಾಂಕ್ರೀಟ್ ಬಿರುಕು ಬಿಟ್ಟ ಮೇಲೆ EI ಪೂರ್ತಿ ಉಳಿಯುವುದಿಲ್ಲ. ಅರ್ಧ ಅಂತ ಹಿಡಿದು ಮಾಡಿದರೆ ತಲೆಯ ಸರಿತ 17.5 ಮಿ.ಮೀ. ಮೊಮೆಂಟ್ ಸ್ವಲ್ಪ ಇಳಿದು 47. ಒಂದೇ ಪೈಲ್, ಒಂದೇ ಬಲ, ಒಂದೇ ಸೂತ್ರ. ಅಕ್ಟೋಬರಿನಲ್ಲಿ 4, ಮೇ ತಿಂಗಳಲ್ಲಿ 17.

ಗೋದಾಮಿನ ಸಾಹುಕಾರರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಡ್ಡಕ್ಕೆ ಬೀಮ್ ಕಟ್ಟಿಬಿಟ್ರೆ ಮುಗೀತಲ್ರಿ?" ಅದು ಒಳ್ಳೆಯ ದಾರಿಯೇ. ಎದುರುಬದುರು ಪೈಲ್‌ಗಳನ್ನು ಕಟ್ಟಿದರೆ ಚೌಕಟ್ಟು ಹೊರಕ್ಕೆ ತಳ್ಳುವ ಪಾಲು ಬೀಮಿನಲ್ಲೇ ಮುಗಿದುಹೋಗುತ್ತದೆ. ಆದರೆ ಗಾಳಿಯ ಪಾಲು ಎರಡೂ ಪೈಲನ್ನು ಒಂದೇ ಕಡೆ ತಳ್ಳುತ್ತದೆ, ಬೀಮ್ ಅದನ್ನು ಹಂಚುತ್ತದೆ ಅಷ್ಟೆ. ಮೇಲಾಗಿ 24 ಮೀಟರ್ ಬೀಮ್ ಎರೆಮಣ್ಣಿನ ಮೇಲೆ ಕೂರಬೇಕು. ಮಳೆಗಾಲದಲ್ಲಿ ಮಣ್ಣು ಉಬ್ಬಿ ಕೆಳಗಿನಿಂದ ಒದೆಯುತ್ತದೆ. ಅಡಿಯಲ್ಲಿ ಸಂದು ಬಿಡಬೇಕು, ಮೇಲೆ ಲಾರಿ ಓಡಾಡಬೇಕು. ಬೇಡವೆನಿಸಿತು.

ನಾವು ವ್ಯಾಸ 600ಕ್ಕೆ ಏರಿಸಿದೆವು. EI ಮೂರು ಪಟ್ಟು ಜಾಸ್ತಿ, R 2.46 ಮೀಟರ್. ಈಗ ಉದ್ದವನ್ನೂ ನೋಡಬೇಕು: ಮೂರೂವರೆ R ಅಂದರೆ 8.6, ಬಿರುಕಿನ ಒಂದೂವರೆ ಸೇರಿ 10.1. ಹಳೆಯ 9 ಮೀಟರ್ ಸಾಲದು, ಹತ್ತೂವರೆ ಮಾಡಿದೆವು. ಮೇ ತಿಂಗಳ ಸ್ಥಿತಿಯಲ್ಲಿ ತಲೆಯ ಸರಿತ 6.9 ಮಿ.ಮೀ. ಮೊಮೆಂಟ್ 53, ಅಂದರೆ 450ರದ್ದಕ್ಕಿಂತ ತುಸು ಜಾಸ್ತಿಯೇ. ಗಟ್ಟಿ ಪೈಲ್ ಹೆಚ್ಚು ಹೊರೆ ಹೊರುತ್ತದೆ, ಅದು ಸಹಜ. ಆದರೆ 600 ಪೈಲ್ ಬಿರುಕು ಬಿಡುವುದು ಸುಮಾರು 74ಕ್ಕೆ. ಹಾಗಾಗಿ EI ಅರ್ಧವಾಗುವ ತಾಪತ್ರಯ ಹೋಯಿತು. ಚೌಕಟ್ಟು ಮಾಡಿದವರನ್ನು ಕೇಳಿ, ಕಂಬದ ಬುಡ 8 ಮಿ.ಮೀ. ಸರಿದರೂ ತಡೆಯುತ್ತದೆ ಅಂತ ಖಾತ್ರಿ ಮಾಡಿಕೊಂಡೆವು.

ಆಮೇಲೆ ಪರೀಕ್ಷೆ. ಐಎಸ್ 2911ರ ನಾಲ್ಕನೇ ಭಾಗದಲ್ಲಿ 5 ಮಿ.ಮೀ. ಸರಿತದ ಬಲ, 12 ಮಿ.ಮೀ. ಸರಿತದ ಬಲದಲ್ಲಿ ಅರ್ಧ, ಅಂತೆಲ್ಲ ಮಿತಿಗಳಿವೆ. ಕೆಲಸಕ್ಕೆ ತಕ್ಕ ಬೇರೆ ಸರಿತವನ್ನು ಗೊತ್ತುಮಾಡಿಕೊಳ್ಳಲೂ ಅವಕಾಶವಿದೆ. ನಾವು ಆ ಎಂಟನ್ನೇ ಹಿಡಿದೆವು. ಪರೀಕ್ಷೆಗೆ ದಿನ ಸಿಕ್ಕಿದ್ದು ನವೆಂಬರಿನಲ್ಲಿ, ಮಣ್ಣು ಮತ್ತೆ ಕೂಡಿಕೊಂಡಿತ್ತು. ಹಾಗೇ ಎಳೆದುಬಿಟ್ಟಿದ್ದರೆ ಚಂದದ ಅಂಕಿ ಬರುತ್ತಿತ್ತು, ಅದರಿಂದ ಉಪಯೋಗವಿರಲಿಲ್ಲ. ಎರಡು ಪೈಲ್‌ಗಳ ಸುತ್ತ ಒಂದೂವರೆ ಮೀಟರ್ ಆಳ ಗುಂಡಿ ತೆಗೆಸಿದೆವು. ಮೇಲೆ ಅವುಗಳ ನಡುವೆ ತೊಲೆ, ಜಾಕ್ ಕೂರಿಸಿ, ಹಳೆಯ ನೆಲಮಟ್ಟದಲ್ಲಿ ಗೇಜ್ ಇಟ್ಟು ಒಂದನ್ನೊಂದು ದೂರ ತಳ್ಳಿದೆವು. 20 ಕಿಲೋನ್ಯೂಟನ್‌ಗೆ ಮುಳ್ಳು 6 ಮಿ.ಮೀ. ಹತ್ತಿರ ನಿಂತಿತು.

ಬಲ ಇಳಿಸಿದಾಗ ಮುಳ್ಳು ಪೂರ್ತಿ ಸೊನ್ನೆಗೆ ಬರಲಿಲ್ಲ. ಗುಂಡಿಗೆ ಇಳಿದು ನೋಡಿದರೆ ಪೈಲ್ ಒತ್ತಿದ ಕಡೆ, ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಕುಡುಗೋಲಿನ ಆಕಾರದ ಸಣ್ಣ ಸಂದು. ನಮ್ಮ ಸೂತ್ರದ ಸ್ಪ್ರಿಂಗ್ ಹಿಂದಕ್ಕೆ ಬರುತ್ತದೆ, ಜೇಡಿಮಣ್ಣು ಪೂರ್ತಿ ಬರುವುದಿಲ್ಲ. ಮೇಸ್ತ್ರಿ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಆ ಸಂದಿಗೆ ಹಾಕಿದ. ಅದು ಸಲೀಸಾಗಿ ಒಳಗೆ ಹೋಯಿತು.